ಅರ್ಧಕ್ಕೆ ಬಿಟ್ಟ ಮಾತ್ರೆ, ಮದ್ದಿಗೆ ಬಗ್ಗದ ಕ್ಷಯ

ನವೆಂಬರಿನಿಂದ ಮಾರ್ಚಿಯವರೆಗೆ ಅಡಿಕೆ ಕೊಯ್ಲು, ಕಾಫಿ ಕೊಯ್ಲು ಒಂದರ ಮೇಲೊಂದು ಬರುವಾಗ ಊರಿನ ಆಳುಗಳಷ್ಟೇ ಸಾಲದೆ ನಾವು ಹೊರಗಿನವರನ್ನು ಕರೆಸುತ್ತೇವೆ. ಉತ್ತರ ಕರ್ನಾಟಕದ ಬಯಲುಸೀಮೆಯಿಂದ ಬರುವವರೂ ಅವರಲ್ಲಿದ್ದಾರೆ. ಹೀಗೆ ಊರು ಬಿಟ್ಟು ಊರಿಗೆ ದುಡಿಯಲು ಹೋಗುವವರಲ್ಲಿ ಕ್ಷಯರೋಗದ ಚಿಕಿತ್ಸೆ ನಡುವೆಯೇ ತುಂಡಾಗುವುದುಂಟು. ತುಂಡಾದ ಚಿಕಿತ್ಸೆ ರೋಗವನ್ನು ಮರಳಿ ತರುತ್ತದೆ. ಕೆಲವರಲ್ಲಿ ಅದು ಮೊದಲಿನ ಮದ್ದಿಗೆ ಬಗ್ಗದ ಬೇರೆಯೇ ರೋಗವಾಗಿ ಮರಳುತ್ತದೆ. ಅದು ಹೇಗೆ ಎಂಬುದನ್ನು ಸದಸ್ಯ ಬಾಂಧವರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಉದಾಹರಣೆಗೆ ಬೆಳಗಾವಿ ಜಿಲ್ಲೆಯ ಗಡಿಭಾಗವನ್ನು ತೆಗೆದುಕೊಳ್ಳೋಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ಕಡೆ ಜನ ಸದಾ ಓಡಾಟದಲ್ಲಿರುತ್ತಾರೆ. ಕೃಷ್ಣಾ ತೀರದಲ್ಲಿ ಕಬ್ಬು ಕಡಿಯುವ ಕೆಲಸ, ನಿಪ್ಪಾಣಿಯಲ್ಲಿ ತಂಬಾಕು ಮತ್ತು ಬೀಡಿಯ ಕೆಲಸ. ಅಥಣಿಯ ಪೂರ್ವಭಾಗ ಮಳೆ ಕಡಿಮೆಯ ಸೀಮೆ. ಬೆಳೆ ಹೋದ ವರ್ಷ ಗುಳೆ ಹೋಗದೆ ವಿಧಿಯಿಲ್ಲ. ಕಾಯಿಲೆಯಾದರೆ ಕಾಗವಾಡದವರಿಗೆ ಮಿರಜ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಹೀಗೆ ರೋಗಿಯೊಬ್ಬ ಒಂದೇ ವರ್ಷದಲ್ಲಿ ಎರಡು ರಾಜ್ಯದ ಆಸ್ಪತ್ರೆಗಳನ್ನೂ ಮೂರು ಊರಿನ ಔಷಧದ ಅಂಗಡಿಗಳನ್ನೂ ಕಂಡಿರಬಹುದು.

ಲೆಕ್ಕ ಹೀಗಿದೆ

ಕ್ಷಯ ಬಲಿತ ಶ್ವಾಸಕೋಶದಲ್ಲಿ ಗೂಡಿನಂಥ ಒಂದು ಪೊಳ್ಳು ಬೀಳುತ್ತದೆ. ಅದರೊಳಗೆ ಸುಮಾರು ಹತ್ತು ಕೋಟಿ ರೋಗಾಣುಗಳಿರಬಹುದು. ಅವು ಮರಿಹಾಕುತ್ತಾ ಹೋಗುವಾಗ ಅಪರೂಪಕ್ಕೊಂದು ಹುಟ್ಟಿನಿಂದಲೇ ಮದ್ದನ್ನು ತಡೆದುಕೊಳ್ಳುವ ಗುಣ ಪಡೆದು ಬರುತ್ತದೆ. ಇದಕ್ಕೆ ರೋಗಿ ಮದ್ದು ತಿಂದಿರಬೇಕೆಂದೇನೂ ಇಲ್ಲ. ಐಸೋನಿಯಾಜಿಡ್ ಎಂಬ ಮದ್ದನ್ನು ತಡೆಯುವ ರೋಗಾಣು ಸುಮಾರು ಹತ್ತು ಲಕ್ಷಕ್ಕೆ ಒಂದು. ರಿಫಾಂಪಿಸಿನ್ ಮದ್ದನ್ನು ತಡೆಯುವಂಥದು ಸುಮಾರು ಹತ್ತು ಕೋಟಿಗೆ ಒಂದು.

ಈಗ ರೋಗಿಗೆ ಐಸೋನಿಯಾಜಿಡ್ ಒಂದನ್ನೇ ಕೊಟ್ಟರೆ ಏನಾಗುತ್ತದೆ? ಹತ್ತು ಕೋಟಿಯಲ್ಲಿ ನೂರು ಉಳಿಯುತ್ತವೆ, ಮಿಕ್ಕವು ಸಾಯುತ್ತವೆ. ಜ್ವರ ಇಳಿದು, ಕೆಮ್ಮು ತಗ್ಗಿ, ಹಸಿವೆ ಹುಟ್ಟುತ್ತದೆ. ಆದರೆ ಉಳಿದ ನೂರಕ್ಕೆ ಈಗ ಗೂಡೆಲ್ಲ ಖಾಲಿ. ಕೆಲವೇ ತಿಂಗಳಲ್ಲಿ ಅವು ಮತ್ತೆ ಕೋಟಿಗಟ್ಟಲೆಯಾಗುತ್ತವೆ, ಮತ್ತು ಆ ಕೋಟಿಯಲ್ಲಿ ಎಲ್ಲವೂ ಐಸೋನಿಯಾಜಿಡ್‌ಗೆ ಬಗ್ಗದವು.

ಎರಡೂ ಮದ್ದನ್ನು ಒಟ್ಟಿಗೆ ಕೊಟ್ಟರೆ ಎರಡನ್ನೂ ತಡೆಯುವ ರೋಗಾಣು ಕೋಟಿ ಕೋಟಿಗೆ ಒಂದು. ಅಷ್ಟು ರೋಗಾಣು ಒಬ್ಬನ ಮೈಯಲ್ಲಿ ಇರಲಾರದು. ಒಂದು ಮದ್ದಿನಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗುತ್ತದೆ. ಕ್ಷಯಕ್ಕೆ ಹಲವು ಮದ್ದುಗಳನ್ನು ಒಟ್ಟಿಗೆ ಕೊಡುವುದರ ಗುಟ್ಟು ಇದೇ.

ಮೆಣಸು ಬೆಳೆಯುವವರಿಗೆ ಇದು ಹೊಸದಲ್ಲ. ಸೊರಗು ರೋಗಕ್ಕೆ ಬಳಸುವ ಮೆಟಲಾಕ್ಸಿಲ್ ಮದ್ದನ್ನು ಮ್ಯಾಂಕೋಜೆಬ್ ಜೊತೆ ಬೆರೆಸಿಯೇ ಮಾರುತ್ತಾರೆ. ಮೆಟಲಾಕ್ಸಿಲ್ ಶಿಲೀಂಧ್ರವನ್ನು ಒಂದೇ ಕಡೆ ಹೊಡೆಯುವ ಮದ್ದು. ಅದೊಂದನ್ನೇ ಮೇಲಿಂದ ಮೇಲೆ ಹೊಡೆದರೆ ಅದಕ್ಕೆ ಬಗ್ಗದ ತಳಿ ಉಳಿದು ತೋಟವನ್ನು ಆಕ್ರಮಿಸುತ್ತದೆ.

ಮನುಷ್ಯರಲ್ಲಿ ಈ ಪಾಠ ಕಲಿತದ್ದು 1948ರಲ್ಲಿ. ಆ ವರ್ಷ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ 55 ರೋಗಿಗಳಿಗೆ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಿದ್ದರು, 52 ಮಂದಿಗೆ ಬರಿಯ ವಿಶ್ರಾಂತಿ. ಆರು ತಿಂಗಳಲ್ಲಿ ಮದ್ದು ಪಡೆದವರಲ್ಲಿ ಸತ್ತವರು 4, ಪಡೆಯದವರಲ್ಲಿ 14. ಗೆಲುವು ದೊಡ್ಡದೆನಿಸಿತು. ಆದರೆ ಮದ್ದು ಪಡೆದ ಹೆಚ್ಚಿನವರಲ್ಲಿ ರೋಗಾಣು ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದಂತಾಯಿತು. ಐದು ವರ್ಷ ಕಳೆಯುವಷ್ಟರಲ್ಲಿ ಎರಡು ಗುಂಪಿನ ಸಾವಿನ ಅಂತರ ಬಹಳ ಕಡಿಮೆಯಾಗಿಬಿಟ್ಟಿತ್ತು.

ಆರು ತಿಂಗಳು ಏಕೆ?

ಕ್ಷಯದ ರೋಗಾಣು ಬಹಳ ನಿಧಾನಿ. ಎರಡಾಗಿ ಒಡೆಯಲು ಸುಮಾರು 20 ಗಂಟೆ ಬೇಕು. ಕೆಲವು ರೋಗಾಣುಗಳು ಬೀಜದಂತೆ ನಿದ್ದೆಯಲ್ಲಿರುತ್ತವೆ. ಚುರುಕಾಗಿ ಬೆಳೆಯುವವನ್ನು ಐಸೋನಿಯಾಜಿಡ್ ಮೊದಲ ವಾರಗಳಲ್ಲೇ ಕೊಲ್ಲುತ್ತದೆ, ರೋಗಿಗೆ ಚೇತರಿಕೆ ಕಾಣುವುದು ಅದರಿಂದ. ನಿದ್ದೆಯಿಂದ ಆಗೀಗ ಏಳುವವನ್ನು ರಿಫಾಂಪಿಸಿನ್ ಕಾದು ಕೊಲ್ಲಬೇಕು. ಮೊದಲ ಎರಡು ತಿಂಗಳು ಈ ಎರಡರ ಜೊತೆ ಪೈರಾಜಿನಮೈಡ್ ಮತ್ತು ಇಥಾಂಬುಟಾಲ್ ಸೇರಿ ನಾಲ್ಕು ಮದ್ದು. ಆಮೇಲೆ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಮೂರು. ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮದಲ್ಲಿ 2017ರಿಂದ ಇವನ್ನು ಒಂದೇ ಮಾತ್ರೆಯಲ್ಲಿ ಬೆರೆಸಿ ದಿನವೂ ಕೊಡುವ ಪದ್ಧತಿ ಬಂದಿದೆ. ಅದಕ್ಕೂ ಮೊದಲು ವಾರಕ್ಕೆ ಮೂರು ದಿನ ಕೊಡುತ್ತಿದ್ದರು.

ಒಬ್ಬ ಆಳಿನ ಕಥೆ

ಅಥಣಿ ಕಡೆಯ ಒಬ್ಬ ಕೂಲಿಯಾಳು ಇದ್ದಾನೆಂದು ಇಟ್ಟುಕೊಳ್ಳೋಣ. ತೂಕ 45 ಕಿಲೋ. ಅವನಿಗೆ ದಿನಕ್ಕೆ 3 ಮಾತ್ರೆ. ಮೊದಲ ಹಂತಕ್ಕೆ 56 ದಿನ, ಎರಡನೆಯ ಹಂತಕ್ಕೆ 112 ದಿನ, ಒಟ್ಟು 504 ಮಾತ್ರೆ. ಸೆಪ್ಟೆಂಬರ್ ಮೊದಲ ವಾರ ಶುರುಮಾಡಿದರೆ ಫೆಬ್ರವರಿ ಮಧ್ಯಕ್ಕೆ ಮುಗಿಯಬೇಕು.

ಅಕ್ಟೋಬರಿನಲ್ಲೇ ಅವನಿಗೆ ಕೆಮ್ಮು ನಿಂತು ಮೈ ತುಂಬಿಕೊಂಡಿತು. ನವೆಂಬರಿನಲ್ಲಿ ಕೊಯ್ಲಿನ ಕರೆ ಬಂದಾಗ 28 ದಿನದ ಮಾತ್ರೆ ಕಟ್ಟಿಕೊಂಡು ಮಲೆನಾಡಿಗೆ ಹೊರಟ. ಮಾತ್ರೆ ಬೇಗ ಮುಗಿಯದಿರಲಿ ಎಂದು ದಿನಕ್ಕೆ ಮೂರರ ಬದಲು ಒಂದೊಂದೇ ನುಂಗತೊಡಗಿದ. ಅಳತೆ ತಪ್ಪಿದ ಮದ್ದು ಸುಲಭಕ್ಕೆ ಸಾಯುವ ರೋಗಾಣುಗಳನ್ನು ಕೊಂದು ಗಟ್ಟಿಯಾದವನ್ನು ಉಳಿಸಿತು. ಕಟ್ಟು ಖಾಲಿಯಾದಾಗ ಕೊಯ್ಲಿನ ಭರ. ಊರಿಗೆ ಹೋಗಿ ತರಲು ಪುರಸೊತ್ತಿಲ್ಲ. ಮತ್ತೆ ಕೆಮ್ಮು ಬಂದಾಗ ಪೇಟೆಯ ಅಂಗಡಿಯಲ್ಲಿ ಹಳೆಯ ಚೀಟಿ ತೋರಿಸಿ, ದುಡ್ಡಿಗೆ ಸಿಕ್ಕಷ್ಟು, ನಾಲ್ಕರಲ್ಲಿ ಎರಡೇ ಮದ್ದು ಕೊಂಡ.

ಇಲ್ಲಿ ಸೂಕ್ಷ್ಮವೊಂದಿದೆ. ಎಲ್ಲ ಮದ್ದನ್ನೂ ಒಂದೇ ದಿನ ನಿಲ್ಲಿಸಿದರೆ ರೋಗ ಮರಳಿದರೂ ಸಾಮಾನ್ಯವಾಗಿ ಹಳೆಯ ಮದ್ದಿಗೆ ಬಗ್ಗುವ ರೋಗವೇ ಮರಳುತ್ತದೆ. ಕೇಡು ಹೆಚ್ಚುವುದು ಬಿಟ್ಟು ಬಿಟ್ಟು ತಿನ್ನುವುದರಿಂದ, ಅರ್ಧ ಅಳತೆಯಿಂದ, ನಾಲ್ಕರಲ್ಲಿ ಕೆಲವನ್ನಷ್ಟೇ ನುಂಗುವುದರಿಂದ. ರೋಗಾಣು ಮೆಟ್ಟಿಲು ಹತ್ತಿದಂತೆ ಒಂದೊಂದೇ ಮದ್ದನ್ನು ದಾಟುತ್ತದೆ. ಮೊದಲು ಐಸೋನಿಯಾಜಿಡ್ ಕೈಬಿಟ್ಟಿತೆನ್ನಿ. ಆಗ ರೋಗಿ ಎರಡು ಮದ್ದು ತಿನ್ನುತ್ತಿದ್ದೇನೆ ಎಂದುಕೊಂಡರೂ ಒಳಗೆ ಕೆಲಸ ಮಾಡುತ್ತಿರುವುದು ರಿಫಾಂಪಿಸಿನ್ ಒಂದೇ. ಒಂದೇ ಮದ್ದಿನ ಗತಿ ಏನೆಂದು ಮೇಲೆ ನೋಡಿದೆವು. ಈ ಎರಡೂ ಕೈಬಿಟ್ಟ ಕ್ಷಯವನ್ನೇ ಬಹು ಔಷಧ ನಿರೋಧಕ ಕ್ಷಯ ಎನ್ನುತ್ತಾರೆ.

ಮುಂದಿನ ಮಾತು ಇನ್ನೂ ಮುಖ್ಯ. ಹೀಗೆ ತಯಾರಾದ ರೋಗಾಣು ಕೆಮ್ಮಿನಲ್ಲಿ ಗಾಳಿಗೆ ಸೇರಿ ಪಕ್ಕದಲ್ಲಿ ಮಲಗಿದವನನ್ನು ಹಿಡಿದರೆ, ಒಂದು ಮಾತ್ರೆಯನ್ನೂ ತಪ್ಪಿಸದ ಅವನಿಗೆ ಮೊದಲ ದಿನದಿಂದಲೇ ಬಗ್ಗದ ಕ್ಷಯ. 2014ರಿಂದ 2016ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಹಿಂದೆ ಚಿಕಿತ್ಸೆ ಪಡೆದಿದ್ದ ರೋಗಿಗಳಲ್ಲಿ ನೂರಕ್ಕೆ ಸುಮಾರು 12 ಮಂದಿಗೆ ಇಂಥ ಕ್ಷಯ ಕಂಡಿತು. ಹಿಂದೆ ಮದ್ದೇ ತಿನ್ನದ ಹೊಸಬರಲ್ಲೂ ನೂರಕ್ಕೆ ಸುಮಾರು 3 ಮಂದಿಗೆ ಇತ್ತು.

1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಸುತ್ತಿನ ಹಳ್ಳಿಗಳಲ್ಲಿ ಚಿಕಿತ್ಸೆಯಿಲ್ಲದ ರೋಗಿಗಳು ಏನಾಗುತ್ತಾರೆಂದು ಗಮನಿಸಿತ್ತು. ಐದು ವರ್ಷದಲ್ಲಿ ಸುಮಾರು ಅರ್ಧದಷ್ಟು ಜನ ತೀರಿಕೊಂಡರು, ಮೂರನೆಯ ಒಂದು ಪಾಲು ತಾವಾಗಿ ಗುಣವಾದರು, ಐದರಲ್ಲಿ ಒಂದು ಪಾಲಿಗಿಂತ ಕಡಿಮೆ ಜನ ರೋಗಾಣು ಕೆಮ್ಮುತ್ತಲೇ ಉಳಿದರು. ಅರೆಬರೆ ಚಿಕಿತ್ಸೆ ಈ ಕೊನೆಯ ಪಾಲನ್ನು ಹೆಚ್ಚಿಸಬಲ್ಲದು. ಸಾಯಬೇಕಾದವನು ಸಾಯುವುದಿಲ್ಲ, ಗುಣವಾಗುವುದೂ ಇಲ್ಲ. ವರ್ಷಗಟ್ಟಲೆ ಮನೆಯವರ ನಡುವೆ ಕೆಮ್ಮುತ್ತಾ ಇರುತ್ತಾನೆ.

ಚಿಕಿತ್ಸೆ ಏಕೆ ಉದ್ದವಾಯಿತು, ಏಕೆ ಉಗ್ರವಾಯಿತು?

ಐಸೋನಿಯಾಜಿಡ್, ರಿಫಾಂಪಿಸಿನ್ ಎರಡೂ ಹೋದರೆ ಕೊಟ್ಟಿಗೆಯ ಎರಡು ಒಳ್ಳೆಯ ಎತ್ತು ಹೋದಂತೆ. ಉಳಿದ ಹಳೆಯ ಮದ್ದುಗಳ ಕಸುವು ಕಡಿಮೆ. ಆದ್ದರಿಂದ ಅದೇ ಕೆಲಸಕ್ಕೆ ಹೆಚ್ಚು ಕಾಲ, ಹೆಚ್ಚು ಬಗೆಯ ಮದ್ದು ಬೇಕು. ಮೇಲಾಗಿ ರೋಗಾಣುವಿಗೆ ತಾಗುವ ಪ್ರಮಾಣಕ್ಕೂ ಮನುಷ್ಯನಿಗೆ ತೊಂದರೆ ಕೊಡುವ ಪ್ರಮಾಣಕ್ಕೂ ನಡುವೆ ಅಂತರ ಕಡಿಮೆ.

ನಮ್ಮ ದೇಶದ ಕಾರ್ಯಕ್ರಮದಲ್ಲಿ ಇಂಥ ರೋಗಿಗಳ ಚಿಕಿತ್ಸೆ 2007ರಲ್ಲಿ ಗುಜರಾತ್ ಮತ್ತು ಮಹಾರಾಷ್ಟ್ರದಲ್ಲಿ ಆರಂಭವಾದಾಗ ಅದರ ಅವಧಿ ಎರಡು ವರ್ಷಕ್ಕೂ ಮಿಕ್ಕಿತ್ತು. ಮೊದಲ ಆರೇಳು ತಿಂಗಳು ಕನಾಮೈಸಿನ್ ಚುಚ್ಚುಮದ್ದು. ಅದರಿಂದ ಕೆಲವರ ಕಿವಿ ಕಾಯಂ ಆಗಿ ಕೆಪ್ಪಾಯಿತು. ಎಥಿಯೋನಮೈಡ್ ತಿಂದರೆ ವಾಂತಿ, ಊಟ ಸೇರದು. ಸೈಕ್ಲೋಸೆರಿನ್ ಕೆಲವರ ಮನಸ್ಸನ್ನೇ ಕೆಡಿಸುತ್ತಿತ್ತು. ಆರು ತಿಂಗಳ ಮಾತ್ರೆಯನ್ನೇ ಮುಗಿಸಲಾಗದವನು ಇದನ್ನು ಎರಡು ವರ್ಷ ಮುಗಿಸಬೇಕಾಗಿತ್ತು.

ಈಗ ಸ್ಥಿತಿ ಬದಲಾಗಿದೆ. ಬೆಡಾಕ್ವಿಲಿನ್ ಎಂಬ ಹೊಸ ಮದ್ದು 2016ರಲ್ಲಿ ನಮ್ಮ ಕಾರ್ಯಕ್ರಮಕ್ಕೆ ಬಂತು. ಮುಂದೆ ಚುಚ್ಚುಮದ್ದಿಲ್ಲದೆ ಬರಿಯ ಮಾತ್ರೆಯ ಚಿಕಿತ್ಸೆ ಸಾಧ್ಯವಾಯಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಬೆಡಾಕ್ವಿಲಿನ್, ಪ್ರಿಟೊಮಾನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಾಸಿನ್ ಕೂಡಿದ ಆರು ತಿಂಗಳ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಆದರೆ ಇದು ಎಲ್ಲರಿಗೂ ಸಲ್ಲದು; ಉದಾಹರಣೆಗೆ ಗರ್ಭಿಣಿಯರಿಗೆ ಕೊಡುವುದಿಲ್ಲ. ಲಿನೆಜೊಲಿಡ್ ರಕ್ತವನ್ನು ತಗ್ಗಿಸಬಹುದು, ಪಾದದಲ್ಲಿ ಜೋಮು ತರಬಹುದು, ಕಣ್ಣಿನ ನರವನ್ನು ಕೆಡಿಸಬಹುದು. ಬೆಡಾಕ್ವಿಲಿನ್ ತಿನ್ನುವವರ ಹೃದಯದ ಬಡಿತವನ್ನು ಇಸಿಜಿ ತೆಗೆದು ನೋಡುತ್ತಿರಬೇಕು. ಈ ಮದ್ದುಗಳಿಗೂ ಬಗ್ಗದ ರೋಗಾಣು ಹುಟ್ಟಿದರೆ ಆ ರೋಗಿ ಮತ್ತೆ ಒಂದೂವರೆ ವರ್ಷಕ್ಕೂ ಮೀರಿದ ಉದ್ದದ ಚಿಕಿತ್ಸೆಗೇ ಹೋಗಬೇಕು.

ತೋಟದಲ್ಲಿ ಗಮನಿಸಬೇಕಾದ್ದು

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ ಇದ್ದರೆ ಕಫ ಪರೀಕ್ಷೆ ಆಗಬೇಕು. ಹಿಂದೆ ಕ್ಷಯಕ್ಕೆ ಮದ್ದು ತಿಂದಿದ್ದೀಯಾ ಎಂದು ಕೇಳಿ, ಹೌದೆಂದರೆ ಅದನ್ನು ಆಸ್ಪತ್ರೆಯಲ್ಲಿ ಹೇಳಲೇಬೇಕು. ಸೂಕ್ಷ್ಮದರ್ಶಕದಲ್ಲಿ ರೋಗಾಣು ಕಂಡರೂ ಅದು ಮದ್ದಿಗೆ ಬಗ್ಗುವುದೋ ಇಲ್ಲವೋ ತಿಳಿಯದು. ರೋಗಾಣುವಿನ ವಂಶವಾಹಿಯನ್ನು ನೋಡುವ ಯಂತ್ರದ ಪರೀಕ್ಷೆಯಾದರೆ ರಿಫಾಂಪಿಸಿನ್ ಕೆಲಸ ಮಾಡುವುದೇ ಎಂಬುದು ಎರಡು ಗಂಟೆಯೊಳಗೆ ಗೊತ್ತಾಗುತ್ತದೆ.

ಆಳು ಮಾತ್ರೆಯ ಕಟ್ಟಿನೊಂದಿಗೆ ಬಂದಿದ್ದರೆ ಅದು ಎಷ್ಟು ದಿನಕ್ಕಿದೆ ಎಂದು ಮೊದಲ ವಾರವೇ ಎಣಿಸಿ ನೋಡಬೇಕು. ಸರ್ಕಾರದ ನಿಕ್ಷಯ್ ಕ್ರಮದಲ್ಲಿ ಪ್ರತಿ ರೋಗಿಗೂ ಒಂದು ಸಂಖ್ಯೆ ಇರುತ್ತದೆ. ಅದನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟರೆ ಅಥಣಿಯಲ್ಲಾಗಲಿ ಮಿರಜಿನಲ್ಲಾಗಲಿ ಆರಂಭವಾದ ಚಿಕಿತ್ಸೆಯನ್ನು ಇಲ್ಲಿಗೆ ವರ್ಗಾಯಿಸಿಕೊಂಡು ಉಚಿತವಾಗಿ ಮುಂದುವರಿಸಬಹುದು. ರಿಫಾಂಪಿಸಿನ್ ತಿಂದವರ ಮೂತ್ರ ಕೆಲವು ಗಂಟೆ ಕಿತ್ತಳೆ ಬಣ್ಣಕ್ಕಿರುತ್ತದೆ. ಅದು ರೋಗವಲ್ಲ, ಹೆದರಿ ಮಾತ್ರೆ ಬಿಡಬಾರದು. ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ, ಕೆಂಪು ಹಸಿರಿನ ಭೇದ ತಿಳಿಯದಾದರೆ ಮಾತ್ರ ಅದೇ ದಿನ ವೈದ್ಯರಿಗೆ ತೋರಿಸಬೇಕು. ಯಾವ ಮದ್ದನ್ನು ನಿಲ್ಲಿಸಬೇಕು, ಯಾವುದನ್ನು ಬದಲಿಸಬೇಕು ಎಂಬುದು ವೈದ್ಯರ ತೀರ್ಮಾನ. ನಾಲ್ಕರಲ್ಲಿ ಒಂದನ್ನು ರೋಗಿ ತಾನೇ ಬಿಟ್ಟರೆ ಮೇಲೆ ಹೇಳಿದ ಮೆಟ್ಟಿಲಿನ ಮೊದಲ ಹೆಜ್ಜೆ ಅಲ್ಲೇ ಶುರುವಾಗುತ್ತದೆ.

ಲೈನು ಮನೆಯ ಕಿಟಕಿಗೆ ಗೋಣಿ ಕಟ್ಟಿ ಹತ್ತು ಜನ ಮಲಗುವ ಕೋಣೆಯಲ್ಲಿ ಗಾಳಿ ಆಡದಿದ್ದರೆ ಒಬ್ಬನ ಕೆಮ್ಮು ಹತ್ತು ಜನರದ್ದಾಗುತ್ತದೆ. ಕೊಯ್ಲಿನ ಆಳು ಬರುವ ಮುನ್ನ ಆ ಕಿಟಕಿಗಳನ್ನು ತೆರೆಯಿಸಿ, ತೆರೆದೇ ಇರುವಂತೆ ನೋಡಿಕೊಳ್ಳಬೇಕು.