ಇವೆಂಟ್ ಮ್ಯಾನೇಜರ್ ರೆಸ್ಯೂಮೆ: ತಪ್ಪು ಕಲ್ಪನೆ ಮತ್ತು ಸತ್ಯ

ತಂಬ್ರಹಳ್ಳಿಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹೂವಿನಹಡಗಲಿ, ಹರಪನಹಳ್ಳಿಗಳವರೆಗಿನ ಸೀಮೆಯಲ್ಲಿ ತೇರು, ಜಾತ್ರೆ, ಸಾಮೂಹಿಕ ವಿವಾಹ, ನಾಟಕ ಪ್ರದರ್ಶನಗಳು ಒಂದಾದ ಮೇಲೊಂದರಂತೆ ನಡೆಯುತ್ತಲೇ ಇರುತ್ತವೆ. ಇವುಗಳ ಪೆಂಡಾಲು, ಊಟ, ಮೈಕು, ನೀರಿನ ವ್ಯವಸ್ಥೆಯಲ್ಲಿ ಪಳಗಿದವರು ಹೊಸಪೇಟೆ, ಹುಬ್ಬಳ್ಳಿ ಅಥವಾ ಬೆಂಗಳೂರಿನ ಇವೆಂಟ್ ಸಂಸ್ಥೆಗಳಿಗೆ ಅರ್ಜಿ ಹಾಕಲು ಹೊರಟಾಗ, ಕೈಯಲ್ಲಿರುವ ಅನುಭವವನ್ನು ಕಾಗದದ ಮೇಲೆ ಹೇಗೆ ಇಡಬೇಕೆಂಬ ಪ್ರಶ್ನೆ ಎದುರಾಗುತ್ತದೆ. ರೆಸ್ಯೂಮೆ ಎಂದರೆ ಒಂದು ನಿರ್ದಿಷ್ಟ ಹುದ್ದೆಗೆ ಬೇಕಾದ ಕೆಲಸದ ಅನುಭವವನ್ನು ಒಂದೆರಡು ಪುಟಗಳಲ್ಲಿ ಹೇಳುವ ಬರಹ. ಅದರಲ್ಲಿ ಜಾತಿ, ತಂದೆಯ ಉದ್ಯೋಗ, ಎತ್ತರ ಮೊದಲಾದ ವಿವರಗಳಿಗೆ ಜಾಗವಿಲ್ಲ. ಇವೆಂಟ್ ಮ್ಯಾನೇಜರ್ ಹುದ್ದೆಯ ಮಟ್ಟಿಗೆ ಅದು ನಿರ್ವಹಿಸಿದ ಕಾರ್ಯಕ್ರಮ, ಸೇರಿದ ಜನ, ಖರ್ಚಾದ ಹಣ, ಒಪ್ಪಂದ ಮಾಡಿಕೊಂಡ ವೆಂಡರುಗಳು ಮತ್ತು ಕೊನೆಯ ಗಳಿಗೆಯಲ್ಲಿ ಬಿಡಿಸಿದ ತೊಡಕು ಎಂಬ ಐದು ಅಂಶಗಳ ಮೇಲೆ ನಿಲ್ಲುತ್ತದೆ. ಈ ಐದರ ಬಗ್ಗೆಯೂ ಬಲವಾಗಿ ಬೇರೂರಿರುವ ತಪ್ಪು ಕಲ್ಪನೆಗಳನ್ನು ಇಲ್ಲಿ ಒಂದೊಂದಾಗಿ ಪರಿಶೀಲಿಸಲಾಗಿದೆ. ವಿವರಣೆಗೆಂದು ತಂಬ್ರಹಳ್ಳಿಯಂಥ ಊರಿನಲ್ಲಿ ಮೇ ತಿಂಗಳಲ್ಲಿ ನಡೆದ, 24 ಜೋಡಿಗಳ ಒಂದು ಸಾಮೂಹಿಕ ವಿವಾಹವನ್ನು ಕಲ್ಪಿಸಿಕೊಂಡು, ಅದರ ಲೆಕ್ಕವನ್ನು ಕೊನೆಯವರೆಗೂ ಬಳಸಿಕೊಳ್ಳಲಾಗಿದೆ.

ತಪ್ಪು ಕಲ್ಪನೆ 1: ಊರ ಕಾರ್ಯಕ್ರಮಗಳು ಲೆಕ್ಕಕ್ಕಿಲ್ಲ, ದೊಡ್ಡ ಉತ್ಸವದ ಹೆಸರು ಇದ್ದರೆ ಸಾಕು

ಸತ್ಯ: ಅರ್ಜಿಯನ್ನು ಓದುವವರು ಹುಡುಕುವುದು ಕಾರ್ಯಕ್ರಮದ ಹೆಸರನ್ನಲ್ಲ, ಅದರೊಳಗೆ ಅರ್ಜಿದಾರರ ಹೊಣೆ ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂಬುದನ್ನು. ಹೂವಿನಹಡಗಲಿಯವರಾದ ಎಂ.ಪಿ. ಪ್ರಕಾಶ್ ಅವರ ಮುತುವರ್ಜಿಯಿಂದ 1980ರ ದಶಕದಲ್ಲಿ ಆರಂಭವಾದ ಹಂಪಿ ಉತ್ಸವವನ್ನು ಇಂದು ಜಿಲ್ಲಾಡಳಿತವು ಹಲವು ಸಮಿತಿಗಳ ಮೂಲಕ ನಡೆಸುತ್ತದೆ. ವೇದಿಕೆ, ಆಸನ, ಕಲಾವಿದರ ವಸತಿ, ಸಾರಿಗೆ, ಊಟ ಹೀಗೆ ಒಂದೊಂದು ಕೆಲಸವೂ ಬೇರೆ ಬೇರೆ ಕೈಗಳಲ್ಲಿ ಹಂಚಿಹೋಗಿರುತ್ತದೆ. ಅಂಥ ಉತ್ಸವದ ಒಂದು ವೇದಿಕೆಯ ಹಿಂದೆ ಎರಡು ದಿನ ಕಲಾವಿದರನ್ನು ಸಮಯಕ್ಕೆ ಸರಿಯಾಗಿ ಹತ್ತಿಸಿ ಇಳಿಸಿದವರು ‘ಹಂಪಿ ಉತ್ಸವ ನಿರ್ವಹಣೆ’ ಎಂದು ಬರೆದರೆ, ಸಂದರ್ಶನದ ಮೊದಲ ಪ್ರಶ್ನೆಗೇ ಆ ಮಾತು ಕುಸಿಯುತ್ತದೆ. ಅದರ ಬದಲು ‘ಒಂದು ವೇದಿಕೆಯ ಹಿಂಬದಿ ಸಮಯಪಾಲನೆ, ಎರಡು ದಿನ’ ಎಂದು ಬರೆದರೆ ಅದು ಸಣ್ಣದಾಗಿ ಕಂಡರೂ ನಿಲ್ಲುತ್ತದೆ.

ಇದಕ್ಕೆ ಪ್ರತಿಯಾಗಿ, ಊರಿನ ಸಾಮೂಹಿಕ ವಿವಾಹವೊಂದನ್ನು ಆರಂಭದಿಂದ ಅಂತ್ಯದವರೆಗೆ ಒಬ್ಬರೇ ನಡೆಸಿದ್ದರೆ ಅದರಲ್ಲಿ ಪೂರ್ಣ ನಿರ್ವಹಣೆಯ ಎಲ್ಲ ಅಂಗಗಳೂ ಸೇರಿರುತ್ತವೆ. ವಧುವಿಗೆ 18, ವರನಿಗೆ 21 ವರ್ಷ ತುಂಬಿದೆಯೇ ಎಂಬುದಕ್ಕೆ ಪ್ರತಿ ಜೋಡಿಯ ದಾಖಲೆ ಪರಿಶೀಲಿಸುವುದು, ಧ್ವನಿವರ್ಧಕಕ್ಕೆ ಪೊಲೀಸರ ಲಿಖಿತ ಅನುಮತಿ ಪಡೆಯುವುದು, ಜೆಸ್ಕಾಂನಿಂದ ತಾತ್ಕಾಲಿಕ ವಿದ್ಯುತ್ ಸಂಪರ್ಕ ಪಡೆಯುವುದು ಇವೆಲ್ಲ ಮದುವೆಯ ಹಿಂದಿನ ವಾರಗಳ ಕೆಲಸ. ಬಹುತೇಕ ಅರ್ಜಿದಾರರು ಇದನ್ನು ಓಡಾಟವೆಂದು ತಿಳಿದು ಬರೆಯುವುದೇ ಇಲ್ಲ. ಸಂಸ್ಥೆಗಳಾದರೋ ಹೊಸಬರಲ್ಲಿ ಮೊದಲು ನೋಡುವುದು ಅನುಮತಿ ಪತ್ರಗಳನ್ನು ತಾವೇ ತಂದ ಅನುಭವವನ್ನು, ಏಕೆಂದರೆ ಒಂದು ಅನುಮತಿ ತಪ್ಪಿದರೆ ಉಳಿದ ಸಿದ್ಧತೆಯೆಲ್ಲ ನಿಂತುಹೋಗುತ್ತದೆ.

ತಪ್ಪು ಕಲ್ಪನೆ 2: ಜನಸಂಖ್ಯೆ ಹೆಚ್ಚಿದಷ್ಟೂ ರೆಸ್ಯೂಮೆಗೆ ತೂಕ

ಸತ್ಯ: ಎಣಿಸಿದ ಬಗೆ ತಿಳಿಯದ ಸಂಖ್ಯೆಗೆ ಬೆಲೆಯಿಲ್ಲ. ಮೈಲಾರದ ಕಾರ್ಣಿಕೋತ್ಸವಕ್ಕೆ ಲಕ್ಷಾಂತರ ಭಕ್ತರು ಬರುವುದು ಕಾರ್ಣಿಕ ಕೇಳುವುದಕ್ಕೆ. ಅಲ್ಲಿ ಒಂದು ಪ್ರಸಾದ ಕೌಂಟರ್ ನೋಡಿಕೊಂಡವರು ಆ ಲಕ್ಷವನ್ನು ತಮ್ಮ ಸಾಲಿನಲ್ಲಿ ಬರೆದುಕೊಳ್ಳಲಾಗದು, ಆದರೆ ತಮ್ಮ ಕೌಂಟರಿನಲ್ಲಿ ಎಷ್ಟು ಮಂದಿಗೆ ಬಡಿಸಿದರೆಂಬುದನ್ನು ಬರೆಯಬಹುದು.

ಸೇರಿದ ಜನರನ್ನು ಅಂದಾಜು ಮಾಡುವುದಕ್ಕೆ ಒಂದು ಸರಳ ಕ್ರಮವಿದೆ. ಅಮೆರಿಕದ ಬರ್ಕ್ಲಿಯಲ್ಲಿ ಪತ್ರಿಕೋದ್ಯಮ ಬೋಧಿಸುತ್ತಿದ್ದ ಹರ್ಬರ್ಟ್ ಜೇಕಬ್ಸ್ 1960ರ ದಶಕದಲ್ಲಿ ರೂಪಿಸಿದ ಈ ಕ್ರಮದ ಪ್ರಕಾರ ಜಾಗದ ವಿಸ್ತೀರ್ಣವನ್ನು ಒಬ್ಬರು ಆಕ್ರಮಿಸುವ ಜಾಗದಿಂದ ಭಾಗಿಸಲಾಗುತ್ತದೆ: ಜನ ವಿರಳವಾಗಿದ್ದರೆ ಒಬ್ಬರಿಗೆ ಸುಮಾರು 10 ಚದರ ಅಡಿ, ಒತ್ತಾಗಿದ್ದರೆ ಸುಮಾರು 4.5 ಚದರ ಅಡಿ. ಉದಾಹರಣೆಯ ಮದುವೆಯ ಪೆಂಡಾಲು 100 ಅಡಿಗೆ 120 ಅಡಿ, ಅಂದರೆ 12,000 ಚದರ ಅಡಿ ಇತ್ತೆಂದರೆ ಅದರಲ್ಲಿ ಒಮ್ಮೆಗೆ 1,200 ಮಂದಿ ಸಡಿಲವಾಗಿ, ಹೆಚ್ಚೆಂದರೆ ಸುಮಾರು 2,670 ಮಂದಿ ಒತ್ತೊತ್ತಾಗಿ ಹಿಡಿಸುತ್ತಾರೆ. ‘ಹತ್ತು ಸಾವಿರ ಜನ ಪೆಂಡಾಲಿನಲ್ಲಿ ಕುಳಿತಿದ್ದರು’ ಎಂಬ ಬರಹವನ್ನು ಅನುಭವಿಗಳು ಇದೇ ಲೆಕ್ಕದಿಂದ ಕ್ಷಣದಲ್ಲಿ ತಳ್ಳಿಹಾಕುತ್ತಾರೆ.

ಊಟವಿರುವ ಕಾರ್ಯಕ್ರಮದಲ್ಲಿ ಇದಕ್ಕಿಂತ ಖಚಿತವಾದ ಎಣಿಕೆ ಪಂಕ್ತಿಯದು. ಒಂದು ಪಂಕ್ತಿಗೆ 300 ಮಂದಿಯಂತೆ 11 ಪಂಕ್ತಿ ತುಂಬಿ, ಹನ್ನೆರಡನೆಯದರಲ್ಲಿ 180 ಮಂದಿ ಕುಳಿತಿದ್ದು, ಕಾರ್ಯಕರ್ತರಿಗೂ ವಾದ್ಯದವರಿಗೂ ಬೇರೆಯಾಗಿ 120 ಊಟ ಹೋಗಿದ್ದರೆ ಒಟ್ಟು 3,600 ಆಗುತ್ತದೆ. ತರಿಸಿದ್ದ 4,000 ಎಲೆಗಳಲ್ಲಿ 390 ಉಳಿದಿದ್ದರೆ ಬಳಕೆಯಾದವು 3,610. ಹರಿದ ಎಲೆಗಳನ್ನು ಬಿಟ್ಟರೆ ಎರಡೂ ಲೆಕ್ಕ ತಾಳೆಯಾಗುತ್ತವೆ. ಆದ್ದರಿಂದ ರೆಸ್ಯೂಮೆಯಲ್ಲಿ ದಿನವಿಡೀ ಬಂದುಹೋದವರ ಸಂಖ್ಯೆಯನ್ನೂ ಒಂದೇ ಹೊತ್ತಿಗೆ ಸೇರಿದ್ದವರ ಸಂಖ್ಯೆಯನ್ನೂ ಬೇರೆ ಬೇರೆ ಬರೆಯಬೇಕು, ಏಕೆಂದರೆ ಊಟದ ಪ್ರಮಾಣವನ್ನು ಮೊದಲನೆಯದೂ, ದ್ವಾರ, ಆಸನ ಮತ್ತು ಸುರಕ್ಷತೆಯನ್ನು ಎರಡನೆಯದೂ ನಿರ್ಧರಿಸುತ್ತದೆ.

ತಪ್ಪು ಕಲ್ಪನೆ 3: ದೊಡ್ಡ ಮೊತ್ತದ ಬಜೆಟ್ ತೋರಿಸಿದರೆ ಸಾಮರ್ಥ್ಯ ತಾನಾಗಿ ಗೊತ್ತಾಗುತ್ತದೆ

ಸತ್ಯ: ಮೊತ್ತ ಒಂದೇ ಏನನ್ನೂ ಹೇಳುವುದಿಲ್ಲ; ಮಂಜೂರಾದದ್ದು ಎಷ್ಟು, ಖರ್ಚಾದದ್ದು ಎಷ್ಟು, ನಡುವಿನ ವ್ಯತ್ಯಾಸಕ್ಕೆ ಕಾರಣವೇನು, ಹಣ ಬಿಡುಗಡೆ ಮಾಡುವ ಅಧಿಕಾರ ಯಾರಲ್ಲಿತ್ತು ಎಂಬ ನಾಲ್ಕು ಸಂಗತಿಗಳು ಸೇರಿದಾಗಲೇ ಅದು ಸಾಮರ್ಥ್ಯದ ಸುಳಿವಾಗುತ್ತದೆ. ಉದಾಹರಣೆಯ ಮದುವೆಗೆ ಸಮಿತಿಯು ₹10,00,000 ಒಪ್ಪಿದ್ದು, ಅದರಲ್ಲಿ ₹50,000 ಆಪತ್ಕಾಲಕ್ಕೆಂದು ತೆಗೆದಿರಿಸಿದ ಹಣವಾಗಿತ್ತು. ಉಳಿದ ₹9,50,000 ಯೋಜನೆಯಂತೆ ಖರ್ಚಾಗಿ, ಹಿಂದಿನ ಸಂಜೆಯ ಗಾಳಿಗೆ ಬಿದ್ದ ಊಟದ ಪೆಂಡಾಲನ್ನು ಮತ್ತೆ ನಿಲ್ಲಿಸಲು ಆಪತ್ತಿನ ಹಣದಲ್ಲಿ ₹38,000 ಬಳಕೆಯಾಗಿ, ₹12,000 ಸಮಿತಿಗೆ ಮರಳಿತು. ಈ ಮೂರು ಅಂಕಿಗಳು ₹10,00,000 ಎಂಬ ಒಂಟಿ ಅಂಕಿಗಿಂತ ಹೆಚ್ಚು ಹೇಳುತ್ತವೆ.

ಊರ ಕಾರ್ಯಕ್ರಮಗಳಲ್ಲಿ ದಾನಿಗಳು ಅಕ್ಕಿ, ತಾಳಿ, ಬಟ್ಟೆಗಳನ್ನು ನೇರವಾಗಿ ಕೊಡುವುದು ಸಾಮಾನ್ಯವಾದ್ದರಿಂದ, ಆ ವಸ್ತುಗಳ ಬೆಲೆಯನ್ನು ಬಜೆಟ್ಟಿಗೆ ಸೇರಿಸಿ ಹಿಗ್ಗಿಸುವ ಅಭ್ಯಾಸವೂ ಇದೆ. ಅದನ್ನು ‘ವಸ್ತುರೂಪದ ದೇಣಿಗೆ ಹೊರತುಪಡಿಸಿ’ ಎಂಬ ಮಾತಿನಿಂದ ಬೇರ್ಪಡಿಸುವುದು ಪ್ರಾಮಾಣಿಕ ಕ್ರಮ. ಖಾಸಗಿ ಕುಟುಂಬ ಅಥವಾ ಕಂಪನಿಯ ಕಾರ್ಯಕ್ರಮವಾದರೆ ಅವರ ಒಪ್ಪಿಗೆಯಿಲ್ಲದೆ ನಿಖರ ಮೊತ್ತ ಹಾಕದೆ, ‘₹8ರಿಂದ 12 ಲಕ್ಷ’ ಎಂಬಂತೆ ವ್ಯಾಪ್ತಿ ಕೊಡುವುದು ಸರಿ.

ತಪ್ಪು ಕಲ್ಪನೆ 4: ವೆಂಡರುಗಳ ಹೆಸರು, ಫೋನ್ ನಂಬರುಗಳ ಉದ್ದನೆಯ ಪಟ್ಟಿ ಸಂಪರ್ಕಬಲವನ್ನು ತೋರಿಸುತ್ತದೆ

ಸತ್ಯ: ವೆಂಡರ್ ಎಂದರೆ ಹಣ ಪಡೆದು ಸಾಮಗ್ರಿಯನ್ನೋ ಸೇವೆಯನ್ನೋ ಒದಗಿಸುವವರು; ಶಾಮಿಯಾನದವರು, ಅಡುಗೆಯ ಗುತ್ತಿಗೆದಾರರು, ಮೈಕ್ ಸೆಟ್‌ನವರು, ಜನರೇಟರಿನವರು, ನೀರಿನ ಟ್ಯಾಂಕರಿನವರು, ವಾದ್ಯದವರು, ಫೋಟೋ-ವಿಡಿಯೋದವರು ಎಂಬ ಏಳು ಬಗೆಯವರು ಉದಾಹರಣೆಯ ಮದುವೆಯಲ್ಲಿದ್ದರು. ಅವರ ಹೆಸರು, ನಂಬರುಗಳು ಅವರ ಖಾಸಗಿ ವಿವರಗಳಾದ್ದರಿಂದ ರೆಸ್ಯೂಮೆಯಲ್ಲಿ ಇರಬಾರದು. ಓದುವವರು ಕೇಳುವುದು ಅವರೊಂದಿಗೆ ಕೆಲಸ ಹೇಗೆ ಕುದುರಿತು ಎಂಬುದನ್ನು: ಎಷ್ಟು ದರಪಟ್ಟಿ ತರಿಸಿ ಹೋಲಿಸಲಾಯಿತು, ಮುಂಗಡ ಎಷ್ಟು, ಬಾಕಿ ಯಾವಾಗ, ಸಾಮಗ್ರಿ ಬಂದು ನಿಲ್ಲಬೇಕಾದ ಹೊತ್ತು ಬರಹದಲ್ಲಿ ಇತ್ತೇ, ಅವರು ಕೈಕೊಟ್ಟರೆ ಎರಡನೆಯ ದಾರಿ ಯಾವುದು. ಬಾಯಿಮಾತಿನ ವ್ಯವಹಾರವೇ ಹೆಚ್ಚಿರುವ ಊರುಗಳಲ್ಲಿ ಒಂದು ಪುಟದ ಲಿಖಿತ ಒಪ್ಪಂದ ಮಾಡಿಕೊಂಡವರು ಅದನ್ನು ಒಂದು ಸಾಲಿನಲ್ಲಿ ಹೇಳಿದರೂ ಉಳಿದ ಅರ್ಜಿಗಳಿಂದ ಬೇರೆಯಾಗಿ ಕಾಣುತ್ತಾರೆ.

ತಪ್ಪು ಕಲ್ಪನೆ 5: ತೊಡಕುಗಳನ್ನು ಮುಚ್ಚಿಡಬೇಕು, ಬರೆದರೆ ವ್ಯವಸ್ಥೆ ಕೆಟ್ಟಿತ್ತೆಂಬ ಭಾವನೆ ಬರುತ್ತದೆ

ಸತ್ಯ: ತೊಡಕೇ ಇಲ್ಲದ ಕಾರ್ಯಕ್ರಮವನ್ನು ಈ ವೃತ್ತಿಯಲ್ಲಿರುವ ಯಾರೂ ನಂಬುವುದಿಲ್ಲ. 2017ರ ಫೆಬ್ರವರಿಯಲ್ಲಿ ಕೊಟ್ಟೂರು ಗುರುಬಸವೇಶ್ವರರ ರಥೋತ್ಸವದಲ್ಲಿ ತೇರು ಉರುಳಿ ಹಲವರು ಗಾಯಗೊಂಡ ಘಟನೆ ಈ ಭಾಗದ ಎಲ್ಲರಿಗೂ ತಿಳಿದಿರುವುದರಿಂದ, ಸಂದರ್ಶಕರು ಕೇಳುವ ಪ್ರಶ್ನೆ ಏನೂ ಆಗಲಿಲ್ಲವೇ ಎಂಬುದಲ್ಲ, ಆಗುವ ಮುನ್ನ ಏನನ್ನು ಪರೀಕ್ಷಿಸಲಾಗಿತ್ತು, ಆದ ಮೇಲೆ ಯಾರು ಏನು ನಿರ್ಧರಿಸಿದರು ಎಂಬುದು. ‘ಒತ್ತಡದಲ್ಲೂ ಕೆಲಸ ಮಾಡಬಲ್ಲೆ’ ಎಂಬ ವಾಕ್ಯ ಆ ಪ್ರಶ್ನೆಗೆ ಉತ್ತರವಲ್ಲ.

ಉದಾಹರಣೆಯ ಮದುವೆಯ ಹಿಂದಿನ ಸಂಜೆ 6 ಗಂಟೆಗೆ ಮುಂಗಾರಿಗೆ ಮುನ್ನಿನ ಬಿರುಗಾಳಿ ಬೀಸಿ ಊಟದ ಪೆಂಡಾಲಿನ ಗೂಟಗಳು ಕಿತ್ತುಬಂದು, ಅರ್ಧದಷ್ಟು ಬಟ್ಟೆ ಹರಿಯಿತು. ಶಾಮಿಯಾನದವರಲ್ಲಿ ಬೇರೆ ಬಟ್ಟೆ ಇರಲಿಲ್ಲ. ನಿರ್ವಾಹಕರ ಮುಂದಿದ್ದುದು ಎರಡು ದಾರಿ: ಊಟವನ್ನು ಶಾಲೆಯ ವರಾಂಡಕ್ಕೆ ಸಾಗಿಸಿ ಒಂದು ಪಂಕ್ತಿಗೆ 120 ಮಂದಿಯನ್ನಷ್ಟೇ ಕೂರಿಸುವುದು, ಇಲ್ಲವೇ ದರಪಟ್ಟಿ ಕೊಟ್ಟು ಕೆಲಸ ಸಿಗದೆ ಉಳಿದಿದ್ದ ಹಗರಿಬೊಮ್ಮನಹಳ್ಳಿಯ ಎರಡನೆಯ ಶಾಮಿಯಾನದವರನ್ನು ಕರೆಯುವುದು. ಮೊದಲನೆಯದರಿಂದ ಸುಮಾರು 30 ಪಂಕ್ತಿ ಬೇಕಾಗಿ ಊಟ ರಾತ್ರಿಯವರೆಗೂ ಎಳೆಯುತ್ತಿತ್ತು. ಎರಡನೆಯದನ್ನು ಆರಿಸಿ, ರಾತ್ರಿ 11ಕ್ಕೆ ಸಾಮಗ್ರಿ ಬಂದು, ಬೆಳಗಿನ 5ಕ್ಕೆ ಪೆಂಡಾಲು ನಿಂತು, ಊಟ ಅರ್ಧ ಗಂಟೆ ತಡವಾಗಿ ಆರಂಭವಾಯಿತು. ಕೊನೆಯ ಗಳಿಗೆಯ ಪರಿಹಾರವೆಂದು ಕರೆಯಲ್ಪಡುವುದು ಹೀಗೆ ಮೂರು ವಾರ ಹಿಂದೆ ಮೂರು ದರಪಟ್ಟಿ ತರಿಸಿ ಜೋಪಾನವಾಗಿ ಇಟ್ಟುಕೊಂಡದ್ದರ ಫಲವಾಗಿರುತ್ತದೆ; ರೆಸ್ಯೂಮೆಯಲ್ಲಿ ಈ ಸಂಬಂಧ ಕಾಣಬೇಕು. ಅರ್ಧ ಗಂಟೆಯ ತಡವನ್ನೂ ಬರೆಯಬೇಕು, ಏಕೆಂದರೆ ಸ್ವಲ್ಪವೂ ನಷ್ಟವಾಗದ ಪರಿಹಾರದ ಕಥೆ ಅನುಮಾನ ಹುಟ್ಟಿಸುತ್ತದೆ.

ಐದೂ ಅಂಶಗಳು ಸೇರಿದಾಗ

ಮೇಲಿನ ಲೆಕ್ಕವೆಲ್ಲ ರೆಸ್ಯೂಮೆಯಲ್ಲಿ ಹೀಗೆ ಆರು ಸಾಲುಗಳಿಗೆ ಇಳಿಯುತ್ತದೆ:

ಸಾಮೂಹಿಕ ವಿವಾಹ, 24 ಜೋಡಿ. ಹುದ್ದೆ: ಪೂರ್ಣ ನಿರ್ವಾಹಕ, ಸಮಿತಿಗೆ ನೇರ ಹೊಣೆ.
ಅನುಮತಿ: ವಯಸ್ಸಿನ ದಾಖಲೆ ಪರಿಶೀಲನೆ, ಧ್ವನಿವರ್ಧಕ ಅನುಮತಿ, ತಾತ್ಕಾಲಿಕ ವಿದ್ಯುತ್ ಸಂಪರ್ಕ.
ಜನ: ಊಟಕ್ಕೆ 3,600 (ಪಂಕ್ತಿ ಮತ್ತು ಎಲೆ ಎಣಿಕೆ), ಪೆಂಡಾಲಿನಲ್ಲಿ ಒಮ್ಮೆಗೆ ಸುಮಾರು 1,200.
ಬಜೆಟ್: ಮಂಜೂರು ₹10,00,000, ಖರ್ಚು ₹9,88,000 (ವಸ್ತುರೂಪದ ದೇಣಿಗೆ ಹೊರತುಪಡಿಸಿ).
ವೆಂಡರ್: 7 ಬಗೆ, ಶಾಮಿಯಾನಕ್ಕೆ 3 ದರಪಟ್ಟಿ ಹೋಲಿಕೆ, ಲಿಖಿತ ಒಪ್ಪಂದ.
ತೊಡಕು: ಹಿಂದಿನ ಸಂಜೆ ಗಾಳಿಗೆ ಊಟದ ಪೆಂಡಾಲು ಹಾನಿ; ಮೊದಲೇ ದರ ಪಡೆದಿದ್ದ ಎರಡನೆಯ ವೆಂಡರಿನಿಂದ 11 ಗಂಟೆಯೊಳಗೆ ಮರುನಿರ್ಮಾಣ, ₹38,000 ಆಪತ್ತಿನ ಹಣದಿಂದ, ಊಟ 30 ನಿಮಿಷ ತಡ.

ಈ ಸಾಲುಗಳ ಬೆನ್ನಿಗೆ ಅನುಮತಿ ಪತ್ರ, ದರಪಟ್ಟಿ, ರಸೀದಿ, ಸಮಿತಿ ಒಪ್ಪಿದ ಲೆಕ್ಕಪತ್ರಗಳ ಪ್ರತಿಗಳು ಒಂದು ಕಡತದಲ್ಲಿರಬೇಕು. ಅವುಗಳನ್ನು ರೆಸ್ಯೂಮೆಗೆ ಲಗತ್ತಿಸದೆ, ಕೇಳಿದಾಗ ತೋರಿಸುವುದು ವಾಡಿಕೆ. ಇಂಥ ಸಾಲುಗಳಿಗೂ ಒಂದು ಮಿತಿಯಿದೆ: 3,600 ಮಂದಿಯ ಊಟವನ್ನು ಸರಿಯಾಗಿ ನಡೆಸಿದ್ದು 50,000 ಮಂದಿಯ ರಥಬೀದಿಯನ್ನು ನಿಭಾಯಿಸುವ ಶಕ್ತಿಗೆ ಸಾಕ್ಷಿಯಲ್ಲ, ಏಕೆಂದರೆ ಅಲ್ಲಿ ದ್ವಾರ, ಬ್ಯಾರಿಕೇಡ್, ತುರ್ತು ವಾಹನದ ದಾರಿಗಳ ಲೆಕ್ಕವೇ ಬೇರೆ. ಆ ಅನುಭವವಿಲ್ಲದವರು ಅದನ್ನು ಬರೆಯದೆ ಬಿಟ್ಟರೆ, ಬರೆದ ಉಳಿದ ಅಂಕಿಗಳನ್ನು ಓದುವವರು ನಂಬುವುದಕ್ಕೆ ಕಾರಣ ಸಿಗುತ್ತದೆ.