ಎಂಟು ಸೊನ್ನೆಯಾದ ಚೀಟಿ

ಭತ್ತದ ಸುಗ್ಗಿಯ ನಡುವೆ ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿಯಿಂದ ಫೋನ್ ಬಂತು. ಅಲ್ಲಿ ವೇಬ್ರಿಡ್ಜ್ ನೋಡಿಕೊಳ್ಳುವ ಹುಡುಗ, "ಸರ್, ಪ್ರಿಂಟರ್‌ನ್ಯಾಗ ಎಂಟು ಹೋಗಿ ಸೊನ್ನಿ ಬರಾಕತ್ತೈತ್ರಿ" ಅಂದ. ಇಪ್ಪತ್ತು ವರ್ಷದಿಂದ ಪ್ರಿಂಟರ್ ರಿಪೇರಿ ಮಾಡುತ್ತಿದ್ದರೂ ಇಂಥ ದೂರು ಕೇಳಿರಲಿಲ್ಲ. ನಗುತ್ತಲೇ ಬೈಕ್ ಹತ್ತಿದೆ.

ಚೀಟಿ ನೋಡಿದ ಮೇಲೆ ನಗು ನಿಂತಿತು. ತೂಕದ ಪರದೆಯ ಮೇಲೆ 7,480 ಕಿಲೋ ಎಂದಿದ್ದ ಟ್ರ್ಯಾಕ್ಟರ್, ಚೀಟಿಯಲ್ಲಿ 7,400 ಎಂದು ಓದುವಂತಾಗಿತ್ತು. ಆ ಸೀಮೆಯಲ್ಲಿ ಭತ್ತದ ಲೆಕ್ಕ 75 ಕಿಲೋ ಚೀಲದಲ್ಲಿ. ಅಂದರೆ ಒಂದು ಚೀಲ ಪೂರ್ತಿ, ಮೇಲೆ ಐದು ಕಿಲೋ, ಕಾಗದದ ಮೇಲೆ ಮಾಯ. ಚೀಟಿ ಹಿಡಿದುಕೊಂಡು ಜಗಳಕ್ಕೆ ನಿಂತಿದ್ದ ರೈತರ ತಪ್ಪೇನೂ ಇರಲಿಲ್ಲ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಅಕ್ಷರ ಬರೆಯುವುದಿಲ್ಲ, ಚುಕ್ಕೆ ಕುಟ್ಟುತ್ತದೆ. ಅದರ ಹೆಡ್‌ನೊಳಗೆ ಕೂದಲಿಗಿಂತ ದಪ್ಪನೆಯ ಒಂಬತ್ತು ಉಕ್ಕಿನ ಸೂಜಿಗಳು ಒಂದರ ಕೆಳಗೊಂದು ನಿಂತಿರುತ್ತವೆ. ಇವಕ್ಕೆ ಪಿನ್ ಎನ್ನುತ್ತೇವೆ. ಒಂದು ಚುಕ್ಕೆಗೂ ಮುಂದಿನದಕ್ಕೂ ಇಂಚಿನ 72ನೇ ಒಂದು ಭಾಗ, ಅಂದರೆ 0.35 ಮಿಲಿಮೀಟರ್ ಅಂತರ. ಪ್ರತಿ ಪಿನ್ನಿನ ಹಿಂದೆಯೂ ಒಂದೊಂದು ಪುಟ್ಟ ಕಾಯಿಲ್ ಇದೆ. ಅದಕ್ಕೆ ಕರೆಂಟ್ ಬಂದೊಡನೆ ಪಿನ್ ಮುಂದಕ್ಕೆ ಚಿಮ್ಮಿ ರಿಬ್ಬನ್ನಿಗೆ ಬಡಿದು ವಾಪಸಾಗುತ್ತದೆ. ದೊಡ್ಡಕ್ಷರಗಳಿಗೂ ಅಂಕಿಗಳಿಗೂ ಮೇಲಿನ ಏಳು ಪಿನ್ ಸಾಕು. ಇಂಗ್ಲಿಷಿನ ಸಣ್ಣ ವೈ, ಜಿ ಅಕ್ಷರಗಳ ಬಾಲಕ್ಕೂ ಅಡಿಗೆರೆಗೂ ಕೆಳಗಿನವು ಬೇಕು.

ಈಗ 8ನ್ನು ಏಳು ಸಾಲಿನಲ್ಲಿ ಚುಕ್ಕೆಯಿಟ್ಟು ಬರೆದು ನೋಡಿ. ಮೇಲೊಂದು ಗೆರೆ, ಕೆಳಗೊಂದು ಗೆರೆ, ಎರಡೂ ಪಕ್ಕದಲ್ಲಿ ಚುಕ್ಕೆ, ನಟ್ಟನಡುವೆ ನಾಲ್ಕನೇ ಸಾಲಿನಲ್ಲಿ ಸೊಂಟಪಟ್ಟಿಯಂತೆ ಒಂದು ಗೆರೆ. 8ಕ್ಕೂ 0ಗೂ ಇರುವ ವ್ಯತ್ಯಾಸ ಆ ಸೊಂಟಪಟ್ಟಿಯೊಂದೇ. ನಾಲ್ಕನೇ ಪಿನ್ ಸುಮ್ಮನಾದರೆ ಎರಡೂ ಒಂದೇ ಆಕಾರಕ್ಕೆ ಬಂದು ನಿಲ್ಲುತ್ತವೆ. ಹುಡುಗ ಫೋನಿನಲ್ಲಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಆದರೆ ಚೀಟಿಯಲ್ಲಿ ಇನ್ನೊಂದು ರೋಗವೂ ಇತ್ತು: ಬರಹವೆಲ್ಲ ಮಸುಕು. ಮಸುಕು ಬೇರೆ, ಚುಕ್ಕೆ ತಪ್ಪುವುದು ಬೇರೆ. ಎರಡನ್ನೂ "ಪ್ರಿಂಟ್ ಸರಿಯಿಲ್ಲ" ಎಂದು ಒಂದೇ ಗಂಟಿಗೆ ಕಟ್ಟಿ ರಿಬ್ಬನ್ ಬದಲಿಸುವವರೇ ಹೆಚ್ಚು. ಅದೃಷ್ಟಕ್ಕೆ ವೇಬ್ರಿಡ್ಜ್ ಚೀಟಿ ಮೂರು ಪ್ರತಿಯ ಕಾಗದ. ಇದಕ್ಕಿಂತ ಒಳ್ಳೆಯ ಪರೀಕ್ಷೆಯ ಸಾಧನ ನಮ್ಮ ಕೆಲಸದಲ್ಲಿ ಇಲ್ಲ. ಮೇಲಿನ ಪ್ರತಿಗೆ ಮಸಿ ಕೊಡುವುದು ರಿಬ್ಬನ್. ಕೆಳಗಿನ ಎರಡು ಪ್ರತಿಗಳಲ್ಲಿ ಅಕ್ಷರ ಮೂಡುವುದು ಪಿನ್ನಿನ ಪೆಟ್ಟಿನಿಂದ ಮಾತ್ರ, ಅಲ್ಲಿಗೆ ರಿಬ್ಬನ್ನಿನ ಮಸಿ ಇಳಿಯುವುದೇ ಇಲ್ಲ. ಹಾಗಾಗಿ ಮೇಲಿನದು ಮಸುಕಾಗಿ ಕೆಳಗಿನವು ಗಾಢವಾಗಿದ್ದರೆ ರಿಬ್ಬನ್ ಮುಗಿದಿದೆ. ಮೂರೂ ಮಸುಕಾಗಿದ್ದರೆ ಪೆಟ್ಟೇ ಕಡಿಮೆ, ಹೆಡ್ ಕಾಗದದಿಂದ ದೂರ ನಿಂತಿದೆ ಅಥವಾ ಪಿನ್ನುಗಳು ಸವೆದಿವೆ. ಮೂರರಲ್ಲೂ ಅದೇ ಎತ್ತರದಲ್ಲಿ ಬಿಳಿ ಗೆರೆ ಹಾದುಹೋಗಿದ್ದರೆ ಆ ಪಿನ್ ಹೊಡೆಯುತ್ತಲೇ ಇಲ್ಲ.

ನಾನು ಮೂರು ಹಾಳೆ ಬಿಡಿಸಿದೆ. ಮೇಲಿನದು ಬೂದು ಬಣ್ಣ. ಕೆಳಗಿನವು ಕಾಗದ ಹರಿಯುವಷ್ಟು ಗಾಢ. ಬಿಳಿ ಗೆರೆ ಮೂರರಲ್ಲೂ ಇತ್ತು. ರಿಬ್ಬನ್ನೂ ಹೋಗಿದೆ, ನಾಲ್ಕನೇ ಪಿನ್ನೂ ಹೋಗಿದೆ. ಕೆಳಗಿನ ಪ್ರತಿಗಳು ಅಷ್ಟೊಂದು ಗಾಢವಾಗಿದ್ದದ್ದೇಕೆ ಎಂಬ ಪ್ರಶ್ನೆಯಲ್ಲಿ ಉಳಿದ ಕಥೆಯಿತ್ತು.

ಮುಚ್ಚಳ ತೆಗೆದೆ. ಪಕ್ಕದಲ್ಲಿ ಒಂದು ಸಣ್ಣ ಲಿವರ್ ಇರುತ್ತದೆ, ಕಾಗದದ ದಪ್ಪಕ್ಕೆ ತಕ್ಕಂತೆ ಹೆಡ್ಡನ್ನು ಹಿಂದೆ ಮುಂದೆ ಸರಿಸಲು. ಈ ಪ್ರಿಂಟರಿನಲ್ಲಿ ಒಂಟಿ ಹಾಳೆಗೆ ಅದು 0ಯಲ್ಲಿರಬೇಕು, ಮೂರು ಪ್ರತಿಗೆ 2ರಲ್ಲಿ. ಇದ್ದದ್ದು 0ಯಲ್ಲಿ.

"ಇದನ್ಯಾರು ಸರಿಸಿದ್ದಪ್ಪ?"

"ನಾನೇರಿ. ಮಸುಕು ಬರ್ತಿತ್ತು, ಮುಂದಕ್ಕ ತಳ್ಳಿದೆ, ದಪ್ಪ ಬಂತು. ಹಂಗಾ ಬಿಟ್ಟೆ."

ಅವನು ದಡ್ಡನಲ್ಲ. ಅವನು ಮಾಡಿದ್ದರಿಂದ ಅಕ್ಷರ ನಿಜಕ್ಕೂ ಗಾಢವಾಗಿತ್ತು, ಒಂದಷ್ಟು ದಿನ. ರಿಬ್ಬನ್ ಎಂದರೆ ಅರ್ಧ ಇಂಚು ಅಗಲದ ನೈಲಾನ್ ಪಟ್ಟಿ, ಎರಡು ತುದಿ ಕೂಡಿಸಿ ಬಳೆಯಂತೆ ಮಾಡಿ ಡಬ್ಬಿಯಲ್ಲಿ ತುರುಕಿದ್ದು. ಅದು ಸುತ್ತುತ್ತ ಸುತ್ತುತ್ತ ಮಸಿ ಕಳೆದುಕೊಳ್ಳುತ್ತದೆ. ರಾತ್ರಿ ಬಿಟ್ಟು ಬೆಳಿಗ್ಗೆ ಹೊಡೆದರೆ ತುಸು ಗಾಢ ಬರುವುದನ್ನು ನೀವೂ ನೋಡಿರಬಹುದು. ಪೆಟ್ಟು ಬೀಳದ ಅಂಚಿನ ಮಸಿ ನಡುವಿಗೆ ಜಿನುಗಿ ಬಂದದ್ದು ಅದು, ರಿಬ್ಬನ್ ಚೇತರಿಸಿಕೊಂಡದ್ದಲ್ಲ. ಆ ಮಸಿಗೆ ಇನ್ನೊಂದು ಕೆಲಸವೂ ಇದೆ: ಅದರಲ್ಲಿರುವ ಎಣ್ಣೆಯಂಶವೇ ಪಿನ್ನಿನ ತುದಿ ಸರಾಗ ಓಡಾಡಲು ಬೇಕಾದ ಜಿಡ್ಡು. ಒಣ ರಿಬ್ಬನ್ನಿನ ಮೇಲೆ ಹೊಡೆಸಿದರೆ ಮಸಿಯಷ್ಟೇ ಅಲ್ಲ, ಜಿಡ್ಡೂ ಇಲ್ಲ. ಸ್ಟ್ಯಾಂಪ್ ಪ್ಯಾಡಿನ ಮಸಿ ಸುರಿದು ರಿಬ್ಬನ್ ಬದುಕಿಸುವವರ ಹೆಡ್ಡುಗಳು ನನ್ನ ಅಂಗಡಿಗೆ ಬೇಗ ಬರುವುದೂ ಇದೇ ಕಾರಣಕ್ಕೆ. ಅದು ಒಣಗಿ ಪಿನ್ನಿನ ದಾರಿಯಲ್ಲೇ ಗಟ್ಟಿಯಾಗುತ್ತದೆ.

ಆ ಒಣ ಪಟ್ಟಿಗೆ ಹೆಡ್ಡನ್ನು ಒತ್ತಿ ನಿಲ್ಲಿಸಿದಾಗ ಏನಾಗುತ್ತದೆ? ಹೆಡ್ಡಿಗೂ ಕಾಗದಕ್ಕೂ ನಡುವೆ ಇರಬೇಕಾದದ್ದೇ ಅರ್ಧ ಮಿಲಿಮೀಟರಿಗಿಂತ ಕಡಿಮೆ ಜಾಗ. ಅದರಲ್ಲೇ ಮೂರು ಹಾಳೆ ಸೇರಿದರೆ ರಿಬ್ಬನ್ನಿಗೆ ಉಸಿರಾಡಲೂ ಎಡೆಯಿಲ್ಲ. ನೈಲಾನ್ ಉಜ್ಜಿ ಉಜ್ಜಿ ನೂಲೇಳುತ್ತದೆ. ಪಿನ್ ಮುಂದೆ ಚಿಮ್ಮಿ ಹಿಂದೆ ಬರುವಷ್ಟರಲ್ಲಿ ಆ ನೂಲಿಗೆ ಸಿಕ್ಕಿಬೀಳುತ್ತದೆ. ಹೆಡ್ ಮಾತ್ರ ನಿಲ್ಲುವುದಿಲ್ಲ, ಪಕ್ಕಕ್ಕೆ ಓಡುತ್ತಲೇ ಇರುತ್ತದೆ. ಸೂಜಿ ಬಟ್ಟೆಯಲ್ಲಿ ನೆಟ್ಟಿರುವಾಗಲೇ ಕೈ ಪಕ್ಕಕ್ಕೆ ಎಳೆದರೆ ಹೊಲಿಗೆ ಮೆಷಿನ್ನಿನ ಸೂಜಿ ಮುರಿಯುವುದಿಲ್ಲವೇ, ಹಾಗೆ. ಇಲ್ಲಿ ಮೊದಲು ಬಾಗುತ್ತದೆ, ಆಮೇಲೆ ಮುರಿಯುತ್ತದೆ. ರೀಫಿಲ್ ರಿಬ್ಬನ್ನಿನ ಜೋಡಣೆ ಒರಟಾಗಿ ಗಂಟಿನಂತೆ ಎದ್ದಿದ್ದರೂ ಇದೇ ಗತಿ.

ಡಬ್ಬಿಯಿಂದ ರಿಬ್ಬನ್ ಎಳೆದು ಬೆಳಕಿಗೆ ಹಿಡಿದೆ. ನಡುವೆ ಉದ್ದಕ್ಕೂ ಎದ್ದ ರೋಮ, ಎರಡು ಕಡೆ ತೂತು. ಹೆಡ್ ಆರುವ ತನಕ ಕಾದು (ಒಂದೇ ಸಮನೆ ಹೊಡೆದ ಹೆಡ್ ಬೆರಳು ಸುಡುತ್ತದೆ), ಕರೆಂಟ್ ಕಿತ್ತು, ಎರಡು ಸ್ಕ್ರೂ ಬಿಚ್ಚಿ ಮೂತಿಯನ್ನು ಲೆನ್ಸಿನಲ್ಲಿ ನೋಡಿದೆ. ಮೇಲಿನಿಂದ ನಾಲ್ಕನೆಯದು ಉಳಿದವುಗಳಿಗಿಂತ ಒಂದಿಷ್ಟು ಹೊರಗೆ ಇಣುಕಿ ಎಡಕ್ಕೆ ವಾಲಿತ್ತು. ಬೆರಳಿನಿಂದ ಒತ್ತಿದರೆ ಒಳಹೋಗಲಿಲ್ಲ.

ಬರೀ ಸಿಕ್ಕಿಕೊಂಡ ಪಿನ್ ಆಗಿದ್ದರೆ ಉಳಿಸಬಹುದಿತ್ತು. ಮಸಿ ಮತ್ತು ಕಾಗದದ ಧೂಳು ಸೇರಿ ಗಟ್ಟಿಯಾಗಿ ಪಿನ್ನನ್ನು ಹಿಡಿದಿಡುವುದುಂಟು. ಮೂತಿ ಕೆಳಗೆ ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿದ ಬಟ್ಟೆಯ ಮೇಲೆ ಕೆಲವು ನಿಮಿಷ ಇಟ್ಟು, ಹೊಸ ಬಟ್ಟೆಯ ಮೇಲೆ ಒತ್ತಿದರೆ ಕಪ್ಪು ಇಳಿದು ಬಿಡುತ್ತದೆ. ಬಾಗಿದ ಪಿನ್ ಹಾಗಲ್ಲ. ಅದನ್ನು ಇಕ್ಕಳದಲ್ಲಿ ನೆಟ್ಟಗೆ ಮಾಡಿದವರನ್ನು ಬಲ್ಲೆ, ಮಾಡಿ ಕೈಸುಟ್ಟುಕೊಂಡವರಲ್ಲಿ ನಾನೂ ಒಬ್ಬ. ಕಣ್ಣಿಗೆ ನೆಟ್ಟಗಾದರೂ ಆ ಮಡಿಕೆ ಸಣ್ಣ ರಂಧ್ರದಲ್ಲಿ ಎಲ್ಲೋ ತಡೆದು ಮತ್ತೆ ನಿಲ್ಲುತ್ತದೆ. ಪಿನ್ನನ್ನೇ ಬದಲಿಸಬೇಕು. ಹೊಸ ಪಿನ್ ಹಾಕಿದ ಮೇಲೆ ತುದಿಯನ್ನು ನುಣುಪು ಸಾಣೆಕಲ್ಲಿನ ಮೇಲೆ ಉಜ್ಜಿ ಉಳಿದ ಎಂಟರ ಮಟ್ಟಕ್ಕೆ ತರುವುದು ಬೆಂಚಿನ ಮೇಲೆ ಕುಳಿತು ಮಾಡುವ ಕೆಲಸ. ಸುಗ್ಗಿಯಲ್ಲಿ ಅಷ್ಟು ಹೊತ್ತೆಲ್ಲಿ? ಚೀಲದಲ್ಲಿದ್ದ ಅದೇ ಮಾಡೆಲ್ಲಿನ ಹೆಡ್ ಹಾಕುವುದೆಂದು ತೀರ್ಮಾನಿಸಿದೆ.

ಹಾಕುವ ಮೊದಲು ಒಂದು ಕೆಲಸವಿದೆ. ಅವಸರದವರು ಇದನ್ನು ಬಿಟ್ಟುಬಿಡುತ್ತಾರೆ. ಹಳೆಯ ಹೆಡ್ಡಿನ ಒಂಬತ್ತೂ ಕಾಯಿಲ್‌ಗಳನ್ನು ಮಲ್ಟಿಮೀಟರಿನಲ್ಲಿ ಒಂದೊಂದಾಗಿ ಅಳೆದು ಪರಸ್ಪರ ಹೋಲಿಸಬೇಕು. ಎಲ್ಲವೂ ಹತ್ತಿರ ಹತ್ತಿರ ಒಂದೇ ಓಮ್ ತೋರಿಸಬೇಕು. ಒಂದು ತೀರಾ ಕಡಿಮೆ ಇದ್ದರೆ ಕಾಯಿಲ್ ಸುಟ್ಟು ಶಾರ್ಟ್ ಆಗಿದೆ, ಬೋರ್ಡಿನಲ್ಲಿ ಅದನ್ನು ನಡೆಸುವ ಟ್ರಾನ್ಸಿಸ್ಟರನ್ನೂ ಜೊತೆಗೆ ಕರೆದುಕೊಂಡು ಹೋಗಿರುವ ಸಂಭವ ಹೆಚ್ಚು. ಅಂಥ ಬೋರ್ಡಿಗೆ ಹೊಸ ಹೆಡ್ ಸಿಕ್ಕಿಸಿದರೆ ಅದೂ ಸುಡುತ್ತದೆ. ಸುಟ್ಟ ಹೆಡ್ಡನ್ನು ಹೊಸ ಬೋರ್ಡಿಗೆ ಸಿಕ್ಕಿಸಿದರೆ ಬೋರ್ಡ್ ಹೋಗುತ್ತದೆ. ಇಲ್ಲಿ ಒಂಬತ್ತೂ ಸಮ ಇದ್ದವು. ನಾಲ್ಕನೆಯದರ ದೋಷ ಬರೀ ಪಿನ್ನಿನದು.

ಹೆಡ್ಡಿಗೆ ಹೋಗುವ ಚಪ್ಪಟೆ ಕೇಬಲ್ಲನ್ನೂ ನೋಡಿದೆ. ಅದು ಮಡಿಕೆಯಲ್ಲಿ ಬಿರುಕು ಬಿಟ್ಟಿದ್ದರೆ ಚುಕ್ಕೆ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ, ಅದೂ ಸಾಲಿನ ಒಂದೇ ಭಾಗದಲ್ಲಿ. ಸಾಲಿನುದ್ದಕ್ಕೂ ತಪ್ಪದೆ ಬರುವ ಬಿಳಿ ಗೆರೆಯಲ್ಲಿ ಕೇಬಲ್ಲಿನ ಕೈವಾಡ ಅಪರೂಪ.

ಹೊಸ ಹೆಡ್, ಹೊಸ ರಿಬ್ಬನ್, ಲಿವರ್ 2ರಲ್ಲಿ. ಲೈನ್ ಫೀಡ್ ಗುಂಡಿ ಒತ್ತಿ ಹಿಡಿದು ಸ್ವಿಚ್ ಹಾಕಿದರೆ ಪ್ರಿಂಟರ್ ಕಂಪ್ಯೂಟರಿನ ಹಂಗಿಲ್ಲದೆ ತನ್ನ ಅಕ್ಷರಗಳನ್ನೆಲ್ಲ ಹೊಡೆದು ತೋರಿಸುತ್ತದೆ. ಈ ಪರೀಕ್ಷೆ ಡ್ರಾಫ್ಟಿನಲ್ಲೇ ಆಗಬೇಕು. ಚೆಂದದ ಅಕ್ಷರದ ಮೋಡಿನಲ್ಲಿ ಕಾಗದ ಕೂದಲೆಳೆಯಷ್ಟು ಸರಿದು ಅದೇ ಸಾಲನ್ನು ಎರಡನೇ ಸಲ ಹೊಡೆಯುವುದರಿಂದ ಬಿಳಿ ಗೆರೆ ಅರ್ಧ ಮುಚ್ಚಿಹೋಗುತ್ತದೆ. ಕನ್ನಡದಲ್ಲಿ ಬಿಲ್ ಹೊಡೆಸುವವರ ಪಾಡು ಇನ್ನೂ ಬೇರೆ. ನಮ್ಮ ಅಕ್ಷರವನ್ನು ಸಾಮಾನ್ಯವಾಗಿ ಚಿತ್ರವಾಗಿ ಪಟ್ಟಿಪಟ್ಟಿಯಾಗಿ ಹೊಡೆಸುವುದರಿಂದ ಸತ್ತ ಪಿನ್ ಒಂದು ಸಾಲಿನಲ್ಲಿ ತಲೆಕಟ್ಟು ತಿಂದರೆ ಮುಂದಿನ ಸಾಲಿನಲ್ಲಿ ಒತ್ತಕ್ಷರ ತಿನ್ನುತ್ತದೆ. ನೋಡಿದವರು ಫಾಂಟಿನ ಮೇಲೆ ಗುಮಾನಿ ಪಡುತ್ತಾರೆ.

ಪರೀಕ್ಷೆಯ ಹಾಳೆಯಲ್ಲಿ ಬಿಳಿ ಗೆರೆ ಇರಲಿಲ್ಲ. 8ಕ್ಕೆ ಸೊಂಟ ಬಂದಿತ್ತು. ಆದರೆ ಮೂರನೇ ಪ್ರತಿಯ ಬಲ ಅಂಚಿನಲ್ಲಿ, ಸರಿಯಾಗಿ ತೂಕದ ಅಂಕಿ ಬೀಳುವ ಕಡೆ, ಬರಹ ತೆಳುವಾಗುತ್ತ ಹೋಗಿತ್ತು. ಹುಡುಗ ಲಿವರ್ ಸರಿಸಿದ್ದಕ್ಕೆ ಮೂಲ ಕಾರಣ ಅಲ್ಲಿ ಸಿಕ್ಕಿತು. ಹೆಡ್ ಓಡಾಡುವ ಕಂಬಿ ರೋಲರಿಗೆ ಸಮಾನಾಂತರವಾಗಿರಲಿಲ್ಲ, ಬಲಗಡೆ ಅಗಲ ಬಿಟ್ಟಿತ್ತು. ಲಿವರ್ ಎಡಬಲ ಎರಡನ್ನೂ ಒಟ್ಟಿಗೆ ಸರಿಸುತ್ತದೆ, ವಾರೆಯನ್ನು ಸರಿಮಾಡದು.

ಕಂಬಿಯ ಎರಡು ತುದಿಯಲ್ಲೂ ಹಲ್ಲಿರುವ ಬುಷ್ ಇರುತ್ತದೆ, ಅದರ ರಂಧ್ರ ಮಧ್ಯದಲ್ಲಿರದೆ ಒಂದು ಬದಿಗಿರುತ್ತದೆ. ಬುಷ್ ತಿರುಗಿಸಿದರೆ ಆ ತುದಿಯ ಕಂಬಿ ಮುಂದೆ ಹಿಂದೆ ಸರಿಯುತ್ತದೆ. ಲಿವರನ್ನು 0ಗೆ ತಂದು, ರಿಬ್ಬನ್ನನ್ನೂ ಮಾಸ್ಕನ್ನೂ ತೆಗೆದು, ಹೆಡ್ಡಿನ ಮೂತಿಗೂ ರೋಲರಿಗೂ ನಡುವೆ ಫೀಲರ್ ಗೇಜಿನ ಎಲೆ ತೂರಿಸಿ ಅಳೆಯಬೇಕು. ಆ ಮಾಡೆಲ್ಲಿಗೆ ಹೇಳಿದ ಎಲೆ ಉಜ್ಜಿಕೊಂಡು ಹೋಗಬೇಕು, ಅದಕ್ಕಿಂತ ಒಂದು ಮೆಟ್ಟಿಲು ದಪ್ಪದ್ದು ಹೋಗಬಾರದು. ಗೇಜ್ ಇಲ್ಲದಿದ್ದಾಗ ಮಾಮೂಲಿ ಜೆರಾಕ್ಸ್ ಹಾಳೆಯ ತುಂಡುಗಳನ್ನೇ ಬಳಸಿದ್ದೇನೆ, ಒಂದು ಹಾಳೆ ಸುಮಾರು 0.1 ಮಿಲಿಮೀಟರ್. ಎಡ, ನಡು, ಬಲ ಮೂರೂ ಕಡೆ ಅಳೆಯಬೇಕು. ಅಂದು ಎಡಗಡೆ ಬಿಗಿಯಾಗಿ ಹೋದ ಎಲೆ ಬಲಗಡೆ ಸಡಿಲವಾಗಿ ಅಲ್ಲಾಡಿತು. ಬಲ ಬುಷ್ಷನ್ನು ಒಂದು ಹಲ್ಲು ತಿರುಗಿಸಿದೆ, ಇನ್ನೂ ಸಡಿಲ. ಎರಡನೇ ಹಲ್ಲಿಗೆ ಎಡದಷ್ಟೇ ಬಿಗಿ ಬಂತು. ನಡುವೆ ಮತ್ತೆ ನೋಡಿ ಸ್ಕ್ರೂ ಕಟ್ಟಿದೆ.

ಲಿವರ್ ಮತ್ತೆ 2ಕ್ಕೆ. ಹೊರಗೆ ನಿಂತಿದ್ದ ಟ್ರ್ಯಾಕ್ಟರನ್ನು ಪುನಃ ಹತ್ತಿಸಿ ತೂಗಿ ಚೀಟಿ ಹೊಡೆದರು. ರೈತರು ಮೇಲಿನ ಪ್ರತಿಯನ್ನು ನೋಡಲೇ ಇಲ್ಲ. ತಮಗೆ ಸಿಗುವ ಮೂರನೆಯದನ್ನು ಬಿಡಿಸಿ, ಬಿಸಿಲಿಗೆ ಹಿಡಿದು, ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು: ಏಳು, ನಾಕು, ಎಂಟು, ಸೊನ್ನಿ.