ತಟ್ಟೆ ಹೋಯಿತು, ದುಡ್ಡು ಎಲ್ಲಿ?

ನಾವು ಹಾಳೆ ತಟ್ಟೆ ಮಾಡುವವರು. ತೋಟದಲ್ಲಿ ಅಡಿಕೆ ಮರದಿಂದ ಬಿದ್ದ ಹಾಳೆ ತರುತ್ತೇವೆ. ತೊಳೆಯುತ್ತೇವೆ. ಮೆಷಿನಿನಲ್ಲಿ ಒತ್ತಿ ತಟ್ಟೆ ಮಾಡುತ್ತೇವೆ. ಪುತ್ತೂರು, ಸುಳ್ಯ, ಕಡಬದ ಕಡೆ ಈ ಕೆಲಸ ಮಾಡುವ ಅಕ್ಕಂದಿರು ತುಂಬಾ ಮಂದಿ ಇದ್ದಾರೆ.

ಮೊದಲು ನಾವು ಅಂಗಡಿಗೆ ಕೊಡುತ್ತಿದ್ದೆವು. ಪುತ್ತೂರಿನ ಸೋಮವಾರದ ಸಂತೆಯಲ್ಲಾದರೆ ಈ ಕೈಯಲ್ಲಿ ಸಾಮಾನು, ಆ ಕೈಯಲ್ಲಿ ದುಡ್ಡು. ಆಮೇಲೆ ಮೊಬೈಲಿನ ಮಾರಾಟ ತಾಣಕ್ಕೆ ಸೇರಿದೆವು. ಅಂದರೆ ಆನ್‌ಲೈನ್ ಅಂಗಡಿ. ಬೆಂಗಳೂರಿನವರು ಮೊಬೈಲಿನಲ್ಲಿ ನಮ್ಮ ತಟ್ಟೆ ನೋಡಿ ಆರ್ಡರ್ ಹಾಕಿದರು. ಕೊರಿಯರಿನವರು ಬಂದು ಕಟ್ಟು ತೆಗೆದುಕೊಂಡು ಹೋದರು. ನಮಗೆ ಖುಷಿಯೋ ಖುಷಿ.

ಆದರೆ ಹದಿನೈದು ದಿನ ಕಳೆದರೂ ದುಡ್ಡು ಬರಲಿಲ್ಲ. ಹಾಳೆ ಕೊಟ್ಟವರು ಬಾಗಿಲಿಗೆ ಬಂದರು. ಸಂಘದ ಸಾಲದ ಕಂತು ಹತ್ತಿರ ಬಂತು.

"ಎಂತ ಮಾಡುವುದು ಅಕ್ಕಾ? ನಮಗೆ ಮೋಸ ಆಯಿತಾ?" ಎಂದು ಒಬ್ಬಳು ಕೇಳಿದಳು.

"ಮೊದಲು ಲೆಕ್ಕ ನೋಡುವ. ಮತ್ತೆ ಮೋಸವೋ ಅಲ್ಲವೋ ಹೇಳುವ" ಎಂದರು ನಮ್ಮ ಪುಸ್ತಕ ಬರೆಯುವ ಅಕ್ಕ.

ನಾವು ಲೆಕ್ಕ ನೋಡಿದೆವು. ಆಗ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ದುಡ್ಡು ಯಾರ ಕೈಯಲ್ಲಿ ಇರುತ್ತದೆ?

ಸಂತೆಯಲ್ಲಿ ಗಿರಾಕಿ ನಮಗೇ ದುಡ್ಡು ಕೊಡುತ್ತಾರೆ. ಮಾರಾಟ ತಾಣದಲ್ಲಿ ಹಾಗಲ್ಲ. ಗಿರಾಕಿಯ ದುಡ್ಡು ಮೊದಲು ತಾಣದವರಿಗೆ ಹೋಗುತ್ತದೆ. ಅವರು ತಮ್ಮ ಕಮಿಷನ್ ಮತ್ತು ಸಾಗಾಟದ ಖರ್ಚು ಮುರಿದುಕೊಂಡು ಉಳಿದದ್ದನ್ನು ನಮ್ಮ ಬ್ಯಾಂಕ್ ಖಾತೆಗೆ ಹಾಕುತ್ತಾರೆ.

ಅದನ್ನೂ ಕೂಡಲೇ ಹಾಕುವುದಿಲ್ಲ. ಗಿರಾಕಿಗೆ ಸಾಮಾನು ವಾಪಸು ಮಾಡಲು ಕೆಲವು ದಿನ ಅವಕಾಶ ಇರುತ್ತದೆ. ಆ ದಿನಗಳು ಮುಗಿಯುವ ತನಕ ದುಡ್ಡು ತಾಣದಲ್ಲೇ ಇರುತ್ತದೆ. ಎಷ್ಟು ದಿನ ಎಂದು ಆಯಾ ತಾಣದ ಕರಾರಿನಲ್ಲಿ ಬರೆದಿರುತ್ತದೆ. ನಮ್ಮ ತಾಣದಲ್ಲಿ 7 ದಿನ.

ಇಲ್ಲಿಯೇ ನಾವು ತಪ್ಪಿದ್ದು. ಕಟ್ಟು ಕಳಿಸಿದ ದಿನದಿಂದ ನಾವು ದಿನ ಎಣಿಸಿದೆವು. ಎಣಿಸಬೇಕಾದದ್ದು ಕಟ್ಟು ಗಿರಾಕಿಯ ಕೈಗೆ ಸೇರಿದ ದಿನದಿಂದ. ಮಳೆಗಾಲದಲ್ಲಿ ಕೊರಿಯರ್ ನಿಧಾನ ಆದರೆ ನಮ್ಮ ದುಡ್ಡೂ ನಿಧಾನ.

ನಮ್ಮ ಲೆಕ್ಕ

ಜೂನ್ ತಿಂಗಳ ಮೊದಲಿಗೆ ನಾವು 10 ಕಟ್ಟು ಕಳಿಸಿದ್ದೆವು. ಒಂದು ಕಟ್ಟಿನಲ್ಲಿ 25 ತಟ್ಟೆ. ಒಂದು ಕಟ್ಟಿಗೆ 200 ರೂಪಾಯಿ. ಹಾಗಾದರೆ 2000 ರೂಪಾಯಿ ಬರಬೇಕು ಎಂದು ನಾವು ಕಾದು ಕುಳಿತೆವು. ಜೂನ್ 15ರಂದು ತಾಣದ ಲೆಕ್ಕದ ಪುಟ ತೆರೆದು ನೋಡಿದೆವು.

2 ಕಟ್ಟು ಗಿರಾಕಿಗೆ ಸೇರಲೇ ಇಲ್ಲ. ಮನೆ ಬಾಗಿಲಲ್ಲಿ ದುಡ್ಡು ಕೊಡುವ ಆರ್ಡರ್ ಅದು. ಗಿರಾಕಿ "ಬೇಡ" ಎಂದರು. ಕಟ್ಟು ತಿರುಗಿ ಬಂತು. ವಾಪಸು ಸಾಗಾಟಕ್ಕೆ ಕಟ್ಟಿಗೆ 50 ರೂಪಾಯಿಯಂತೆ 100 ರೂಪಾಯಿ ನಮ್ಮ ಮೇಲೆ ಬಿತ್ತು.

8 ಕಟ್ಟು ಮಾರಿಹೋಯಿತು. ಕಮಿಷನ್, ಸಾಗಾಟ ಎಲ್ಲ ಸೇರಿ ಒಂದು ಕಟ್ಟಿಗೆ 60 ರೂಪಾಯಿ ಮುರಿದರು. ನಮಗೆ ಉಳಿದದ್ದು ಕಟ್ಟಿಗೆ 140 ರೂಪಾಯಿ.

ಆ 8ರಲ್ಲಿ 5 ಕಟ್ಟು ಜೂನ್ 5ಕ್ಕೆ ಗಿರಾಕಿಗೆ ಸೇರಿತ್ತು. ಅದರ 7 ದಿನ ಮುಗಿದಿತ್ತು. 5 ಕಟ್ಟಿಗೆ 700 ರೂಪಾಯಿ. ಅದರಿಂದ ವಾಪಸಿನ 100 ಕಳೆದರೆ 600. ಇದು ಜೂನ್ 13ಕ್ಕೆ ಬರಬೇಕಿತ್ತು.

ಉಳಿದ 3 ಕಟ್ಟು ಸೇರಿದ್ದು ಜೂನ್ 12ಕ್ಕೆ. ಅದರ 420 ರೂಪಾಯಿ ಜೂನ್ 19ರ ನಂತರ ಬರುವ ದುಡ್ಡು. ಅದು ತಡ ಅಲ್ಲ, ಕರಾರಿನಂತೆಯೇ ಇದೆ.

ಅಂದರೆ 2000 ಅಲ್ಲ, ನಮಗೆ ಬರುವುದು ಒಟ್ಟು 1020 ರೂಪಾಯಿ. ಅದರಲ್ಲಿ ನಿಜವಾಗಿ ತಡೆದು ನಿಂತದ್ದು 600 ಮಾತ್ರ. ಈಗ ನಮ್ಮ ಪ್ರಶ್ನೆ ಸಣ್ಣದಾಯಿತು. ಆ 600 ಎಲ್ಲಿ ಸಿಕ್ಕಿಕೊಂಡಿದೆ?

ಬ್ಯಾಂಕಿನ ಬಾಗಿಲಲ್ಲಿ ನಿಂತ ದುಡ್ಡು

ಲೆಕ್ಕದ ಪುಟದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಕಾಲೇಜಿಗೆ ಹೋಗುವ ಹುಡುಗಿಯಿಂದ ಓದಿಸಿದೆವು. "ಬ್ಯಾಂಕ್ ಖಾತೆ ಪರಿಶೀಲನೆ ಆಗಿಲ್ಲ, ಹಣ ತಡೆಹಿಡಿಯಲಾಗಿದೆ" ಎಂದಿತ್ತು.

ದುಡ್ಡು ಹಾಕುವ ಮೊದಲು ತಾಣದವರು ಖಾತೆಯನ್ನು ಪರೀಕ್ಷೆ ಮಾಡುತ್ತಾರೆ. ಹೆಚ್ಚಾಗಿ 1 ರೂಪಾಯಿ ಕಳಿಸಿ ನೋಡುತ್ತಾರೆ. ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ಬ್ಯಾಂಕು ತಿಳಿಸುತ್ತದೆ. ಆ ಹೆಸರೂ ನಾವು ಕೊಟ್ಟ ಪಾನ್ ಕಾರ್ಡಿನ ಹೆಸರೂ ಹೊಂದಬೇಕು. ಹೊಂದದಿದ್ದರೆ ದುಡ್ಡು ನಿಲ್ಲುತ್ತದೆ.

ನಮ್ಮಲ್ಲಿ ಹೆಸರು ಹೊಂದಲಿಲ್ಲ. ನಾವು ಕೊಟ್ಟ ಪಾನ್ ಕಾರ್ಡ್ ಒಬ್ಬ ಅಕ್ಕನದ್ದು. ಬ್ಯಾಂಕ್ ಖಾತೆ ಸಂಘದ್ದು. ದುಡ್ಡು ಎಲ್ಲರದ್ದು, ಖಾತೆಯೂ ಎಲ್ಲರದ್ದೇ ಇರಲಿ ಎಂದು ನಾವು ಹಾಗೆ ಮಾಡಿದ್ದು. ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲ.

ನಾವು ಸಭೆ ಸೇರಿದೆವು. ತಾಣಕ್ಕೆ ಆ ಅಕ್ಕನದ್ದೇ ಖಾತೆ ಕೊಡುವುದು, ಬಂದ ದುಡ್ಡನ್ನು ಅದೇ ವಾರ ಸಂಘದ ಖಾತೆಗೆ ಹಾಕುವುದು ಎಂದು ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿದೆವು. ನಾಳೆ ಜಗಳ ಬರಬಾರದಲ್ಲ!

ಆದರೆ ಅಕ್ಕನ ಪಾಸ್‌ಬುಕ್ ಹಳೆಯದು. ಅದರ ಮೇಲೆ ಸಿಂಡಿಕೇಟ್ ಬ್ಯಾಂಕ್ ಎಂದು ಇತ್ತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿಗೆ ಸೇರಿಹೋಗಿದೆ. ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿತು. ವಿಜಯ ಬ್ಯಾಂಕ್ 2019ರಲ್ಲೇ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತ್ತು. ಮೂರೂ ನಮ್ಮ ಜಿಲ್ಲೆಯ ಮನೆಮನೆಯ ಬ್ಯಾಂಕುಗಳು. ಆದ್ದರಿಂದ ಹಳೆಯ ಪಾಸ್‌ಬುಕ್ ಇನ್ನೂ ತುಂಬಾ ಮನೆಗಳಲ್ಲಿ ಇದೆ.

ಪಾಸ್‌ಬುಕ್ಕಿನಲ್ಲಿ ಐಎಫ್‌ಎಸ್‌ಸಿ ಎಂಬ 11 ಅಕ್ಷರ, ಅಂಕಿಗಳ ಗುರುತು ಇರುತ್ತದೆ. ಅದು ಬ್ಯಾಂಕಿನ ಶಾಖೆಯ ವಿಳಾಸ ಇದ್ದ ಹಾಗೆ. SYNB ಎಂದು ಶುರುವಾಗುವ ಹಳೆಯ ಗುರುತು ಈಗ ನಡೆಯುವುದಿಲ್ಲ. ಕೆನರಾ ಬ್ಯಾಂಕಿನದ್ದು CNRB ಎಂದು ಶುರುವಾಗುತ್ತದೆ. ಅಕ್ಕ ಬ್ಯಾಂಕಿಗೆ ಹೋಗಿ ಹೊಸ ಪಾಸ್‌ಬುಕ್ ಮಾಡಿಸಿದರು. ಹೆಸರು ಪಾನ್ ಕಾರ್ಡಿನಲ್ಲಿ ಇರುವ ಹಾಗೆಯೇ ಇದೆಯಾ ಎಂದು ಅಕ್ಷರ ಅಕ್ಷರ ನೋಡಿದರು. ಮದುವೆಗೆ ಮೊದಲು ಅಪ್ಪನ ಹೆಸರು, ಮದುವೆಯ ನಂತರ ಗಂಡನ ಹೆಸರು ಸೇರಿಸಿದ್ದರೆ ಇಲ್ಲಿಯೇ ತೊಡಕು ಬರುವುದು.

ಇನ್ನೊಂದು ಮಾತು. ಕೆಲವು ಸಹಕಾರ ಸಂಘಗಳ ಉಳಿತಾಯ ಖಾತೆಗೆ ಐಎಫ್‌ಎಸ್‌ಸಿ ಇರುವುದಿಲ್ಲ. ಅಂಥ ಖಾತೆಯನ್ನು ತಾಣಕ್ಕೆ ಕೊಡಲು ಆಗುವುದಿಲ್ಲ. ಖಾತೆ ಬದಲಾಯಿಸಿದ ಮೇಲೆ ತಾಣದವರು ಕೆಲವು ದಿನ ಕಾಯಿಸುವುದೂ ಉಂಟು. ಕಳ್ಳರು ಖಾತೆ ಬದಲಾಯಿಸಿರಬಹುದು ಎಂಬ ಹೆದರಿಕೆ ಅವರಿಗೆ.

ಬೂಷ್ಟು ಹಿಡಿದ ತಟ್ಟೆ

ಆಟಿ ತಿಂಗಳಲ್ಲಿ ಇನ್ನೊಂದು ತೊಂದರೆ ಬಂತು. ತಟ್ಟೆಗೆ ಬೂಷ್ಟು ಬಂದಿದೆ ಎಂದು ಇಬ್ಬರು ಗಿರಾಕಿಗಳು ದೂರು ಹಾಕಿದರು. ದೂರು ಮುಗಿಯುವ ತನಕ ಆ ದುಡ್ಡು ಬಿಡುವುದಿಲ್ಲ ಎಂದರು ತಾಣದವರು.

ಒಂದು ಕಟ್ಟಿನ ತಪ್ಪು ನಮ್ಮದೇ. ಸರಿಯಾಗಿ ಒಣಗದ ತಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ್ದೆವು. ಒಪ್ಪಿಕೊಂಡೆವು. ಇನ್ನೊಂದು ಕಟ್ಟು ತಿರುಗಿ ಬಂದಾಗ ಒಳಗೆ ನಮ್ಮ ತಟ್ಟೆಯೇ ಇರಲಿಲ್ಲ, ಬೇರೆ ಯಾವುದೋ ಹರಿದ ತಟ್ಟೆ. ಆದರೆ ತೋರಿಸಲು ನಮ್ಮಲ್ಲಿ ಸಾಕ್ಷಿ ಏನೂ ಇರಲಿಲ್ಲ. ಆ ದುಡ್ಡು ಹೋಯಿತು.

ಈಗ ನಾವು ಕಟ್ಟುವಾಗಲೇ ಮೊಬೈಲಿನಲ್ಲಿ ಫೋಟೋ ತೆಗೆಯುತ್ತೇವೆ. ತಟ್ಟೆ, ಆರ್ಡರ್ ಚೀಟಿ, ತೂಕ ಮೂರೂ ಕಾಣಬೇಕು. ವಾಪಸು ಬಂದ ಕಟ್ಟನ್ನು ಬಿಚ್ಚುವಾಗ ಮೊದಲಿನಿಂದ ಕೊನೆಯ ತನಕ ವಿಡಿಯೋ ಮಾಡುತ್ತೇವೆ. ತಪ್ಪು ಸಾಮಾನು ಬಂದರೆ ಕೆಲವೇ ದಿನಗಳ ಒಳಗೆ ದೂರು ಹಾಕಬೇಕು. ಗಡುವು ದಾಟಿದರೆ ತಾಣದವರು ಕೇಳುವುದಿಲ್ಲ.

ದೂರು ಹೇಗೆ ಬರೆಯಬೇಕು?

ಫೋನಿನಲ್ಲಿ ಹೇಳಿದ ಮಾತಿಗೆ ಸಾಕ್ಷಿ ಇಲ್ಲ. ತಾಣದ ಒಳಗೇ ಇರುವ ಸಹಾಯದ ಪುಟದಲ್ಲಿ ಬರೆದು ಹಾಕಬೇಕು. ಒಂದು ದೂರಿನಲ್ಲಿ ಒಂದೇ ವಿಷಯ ಇರಲಿ. ನಾವು ಹೀಗೆ ಬರೆದೆವು:

"ಜೂನ್ 5ಕ್ಕೆ ತಲುಪಿದ 5 ಆರ್ಡರ್‌ಗಳ 600 ರೂಪಾಯಿ ಜೂನ್ 13ಕ್ಕೆ ಬರಬೇಕಿತ್ತು. ಬಂದಿಲ್ಲ. ಆರ್ಡರ್ ಸಂಖ್ಯೆಗಳನ್ನು ಕೆಳಗೆ ಬರೆದಿದ್ದೇವೆ. ಹೊಸ ಪಾಸ್‌ಬುಕ್ಕಿನ ಮೊದಲ ಪುಟ ಮತ್ತು ಪಾನ್ ಕಾರ್ಡಿನ ಫೋಟೋ ಹಾಕಿದ್ದೇವೆ. ಹಣ ಯಾವ ದಿನ ಬರುತ್ತದೆ, ತಿಳಿಸಿ."

ದೂರು ಹಾಕಿದಾಗ ಒಂದು ಸಂಖ್ಯೆ ಸಿಗುತ್ತದೆ. ಅದನ್ನು ಪುಸ್ತಕದಲ್ಲಿ ಬರೆದಿಡಿ. "ಹಣ ಕಳಿಸಿದ್ದೇವೆ" ಎಂದು ಉತ್ತರ ಬಂದರೆ ಯುಟಿಆರ್ ಸಂಖ್ಯೆ ಕೇಳಿ. ಅದು ಆ ಹಣದ ಗುರುತು. ಅದನ್ನು ಬ್ಯಾಂಕಿಗೆ ಕೊಟ್ಟರೆ ಹಣ ಬಂದಿದೆಯಾ, ತಿರುಗಿ ಹೋಗಿದೆಯಾ ಎಂದು ಹುಡುಕಿ ಹೇಳುತ್ತಾರೆ.

ಉತ್ತರವೇ ಬರದಿದ್ದರೆ ತಾಣದ ದೂರು ಅಧಿಕಾರಿಗೆ ಬರೆಯಿರಿ. ಹಳೆಯ ದೂರಿನ ಸಂಖ್ಯೆಯನ್ನೂ ಬರೆಯಿರಿ. ಅಲ್ಲಿಯೂ ಆಗದಿದ್ದರೆ ಪುತ್ತೂರು ಅಥವಾ ಸುಳ್ಯದ ನ್ಯಾಯಾಲಯದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಕಾನೂನಿನ ನೆರವು ಉಚಿತ. ಹೋಗುವಾಗ ಲೆಕ್ಕದ ಪುಸ್ತಕ, ದೂರಿನ ಸಂಖ್ಯೆ, ಫೋಟೋ ಎಲ್ಲ ಕೈಯಲ್ಲಿರಲಿ.

ಎಚ್ಚರ!

ದುಡ್ಡು ತಡವಾದಾಗ ನಮ್ಮಲ್ಲಿ ಒಬ್ಬಳು ಮೊಬೈಲಿನಲ್ಲಿ ಹುಡುಕಿ ಯಾವುದೋ ನಂಬರಿಗೆ ಫೋನ್ ಮಾಡಿದಳು. ಆ ಕಡೆಯವನು ಚಂದ ಮಾತನಾಡಿದ. "ನಿಮ್ಮ 600 ಈಗಲೇ ಹಾಕುತ್ತೇನೆ, ಪಿನ್ ಒತ್ತಿ" ಎಂದ. ಪುಣ್ಯಕ್ಕೆ ಪುಸ್ತಕದ ಅಕ್ಕ ಪಕ್ಕದಲ್ಲಿದ್ದರು. ಫೋನ್ ಕಿತ್ತುಕೊಂಡರು.

ನಮಗೆ ದುಡ್ಡು ಬರಲು ಪಿನ್ ಒತ್ತುವುದು ಬೇಡ. ಪಿನ್ ಒತ್ತಿದರೆ ನಮ್ಮ ದುಡ್ಡು ಹೋಗುತ್ತದೆ. ಒಟಿಪಿಯನ್ನೂ ಯಾರಿಗೂ ಹೇಳಬಾರದು. ಮೋಸ ಆಗಿಯೇ ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು.

ಕೊನೆಗೆ ಏನಾಯಿತು?

ಖಾತೆ ಸರಿ ಮಾಡಿದ ಮೇಲೆ 600 ಬಂತು. ಮತ್ತೆ 420 ಬಂತು. ಕಟ್ಟಿಗೆ 200 ಎಂದು ಕಂಡದ್ದರಲ್ಲಿ ಕೈಗೆ ಬರುವುದು 140 ಎಂದು ಈಗ ಗೊತ್ತಾಗಿದೆ. ದುಡ್ಡಿಗೆ ಎರಡು ಮೂರು ವಾರ ಕಾಯಬೇಕು ಎಂದೂ ಗೊತ್ತಾಗಿದೆ. ಅದಕ್ಕೆ ಎಲ್ಲ ತಟ್ಟೆಯನ್ನೂ ತಾಣಕ್ಕೆ ಹಾಕುವುದಿಲ್ಲ. ಅರ್ಧ ಊರ ಅಂಗಡಿಗೆ, ಸಂತೆಗೆ. ಆ ದುಡ್ಡಿನಲ್ಲಿ ಹಾಳೆಯವರಿಗೆ ಕೊಡುತ್ತೇವೆ, ಕಂತು ಕಟ್ಟುತ್ತೇವೆ.

ಪುಸ್ತಕದಲ್ಲಿ ಈಗ ಐದು ಸಾಲು ಎಳೆದಿದ್ದೇವೆ. ಆರ್ಡರ್ ಸಂಖ್ಯೆ, ಕಳಿಸಿದ ದಿನ, ಗಿರಾಕಿಗೆ ಸೇರಿದ ದಿನ, ಬರಬೇಕಾದ ದುಡ್ಡು, ಬಂದ ದುಡ್ಡು. ಕೊನೆಯ ಸಾಲು ಖಾಲಿ ಇದ್ದರೆ ಕೇಳುವ ದಿನ ಬಂತು ಎಂದು ಅರ್ಥ.

ಓದಿ, ಮಾತನಾಡಿ

1. ಕಟ್ಟು ಕಳಿಸಿದ್ದು ಜುಲೈ 1ಕ್ಕೆ, ಗಿರಾಕಿಗೆ ಸೇರಿದ್ದು ಜುಲೈ 8ಕ್ಕೆ. 7 ದಿನದ ಕರಾರು ಇದ್ದರೆ ಯಾವ ದಿನದ ನಂತರ ದುಡ್ಡು ಕೇಳಬಹುದು?
2. ನಿಮ್ಮ ಪಾಸ್‌ಬುಕ್ ತೆರೆಯಿರಿ. ಐಎಫ್‌ಎಸ್‌ಸಿ ಎಲ್ಲಿ ಬರೆದಿದೆ?
3. ಪಾನ್ ಕಾರ್ಡಿನಲ್ಲಿ ಮತ್ತು ಪಾಸ್‌ಬುಕ್ಕಿನಲ್ಲಿ ನಿಮ್ಮ ಹೆಸರು ಒಂದೇ ರೀತಿ ಇದೆಯಾ?